ಭಾರ ಏರುತ್ತಿದೆಯೇ, ನಿಂತಿದೆಯೇ?

ಬೆಂಚ್ ಪ್ರೆಸ್‌ನಲ್ಲಿ 40 ಕೆ.ಜಿ. ಎತ್ತುವವರು ಮುಂದಿನ ಹಂತಕ್ಕೆ ಹೋಗಬೇಕೆಂದರೆ ಬಾರ್‌ನ ಎರಡೂ ತುದಿಗೆ ಪ್ಲೇಟ್ ಸೇರಿಸಬೇಕು. ಜಿಮ್‌ನಲ್ಲಿ 1.25 ಕೆ.ಜಿ. ಪ್ಲೇಟ್ ಇದ್ದರೆ ಒಟ್ಟು ಭಾರ 42.5 ಆಗುತ್ತದೆ. 2.5 ಕೆ.ಜಿ.ಯೇ ಅತಿ ಚಿಕ್ಕದಾದರೆ ಒಮ್ಮೆಲೇ 45ಕ್ಕೆ ಹಾರಬೇಕು. ಈ ಎರಡು ಹಂತಗಳ ನಡುವಿನ ವಾರಗಳಲ್ಲಿ ಬಾರ್‌ನ ಮೇಲಿನ ಭಾರ ಬದಲಾಗುವುದಿಲ್ಲ. ಆದರೆ 8 ರೆಪ್ ಮಾಡುತ್ತಿದ್ದವರು 9ಕ್ಕೆ, 9 ಮಾಡುತ್ತಿದ್ದವರು 10ಕ್ಕೆ ಏರಿರಬಹುದು. ಇಲ್ಲವೇ ಎಲ್ಲವೂ ಇದ್ದಲ್ಲೇ ನಿಂತಿರಬಹುದು. ಭಾರವನ್ನಷ್ಟೇ ನೆನಪಿಟ್ಟುಕೊಂಡವರಿಗೆ ಈ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇದಕ್ಕೆ ದುಬಾರಿ ಆ್ಯಪ್ ಏನೂ ಬೇಡ. ಗೂಗಲ್ ಶೀಟ್ಸ್‌ನಲ್ಲಿ ಮೂರು ಹಾಳೆ ಸಾಕು. ಒಂದರಲ್ಲಿ ಸೆಟ್‌ಗಳ ದಾಖಲೆ, ಇನ್ನೊಂದರಲ್ಲಿ ವಾರದ ಒಟ್ಟು ಕೆಲಸ, ಮತ್ತೊಂದರಲ್ಲಿ ಯಾವ ವ್ಯಾಯಾಮ ಮೂರು ವಾರಗಳಿಂದ ನಿಂತಿದೆ ಎಂಬ ಸೂಚನೆ. ನೆಲಮಾಳಿಗೆಯ ಜಿಮ್‌ನಲ್ಲಿ ನೆಟ್‌ವರ್ಕ್ ಸಿಗದಿದ್ದರೂ ಚಿಂತೆಯಿಲ್ಲ. ಮೊದಲೇ ಮೊಬೈಲ್‌ನಲ್ಲಿ ಆ ಕಡತವನ್ನು ಆಫ್‌ಲೈನ್ ಬಳಕೆಗೆ ಗುರುತು ಮಾಡಿಟ್ಟರೆ ಅಲ್ಲಿಯೇ ಬರೆದುಕೊಳ್ಳಬಹುದು.

ಒಂದು ಸೆಟ್‌ಗೆ ಒಂದು ಸಾಲು

ಮೊದಲ ಹಾಳೆಗೆ `Log` ಎಂದು ಹೆಸರಿಡಬೇಕು. ಇಲ್ಲಿನ ನಿಯಮ ಒಂದೇ: ಒಂದು ಸೆಟ್‌ಗೆ ಒಂದು ಸಾಲು. ಅನೇಕರು ಒಂದೇ ಚೌಕದಲ್ಲಿ "40 ಕೆ.ಜಿ. 8, 8, 7" ಎಂದು ಬರೆದಿಡುತ್ತಾರೆ. ಓದುವವರಿಗೆ ಅದು ಅರ್ಥವಾಗುತ್ತದೆ, ಸೂತ್ರಕ್ಕೆ ಅರ್ಥವಾಗುವುದಿಲ್ಲ. A ಕಾಲಂನಲ್ಲಿ ದಿನಾಂಕ, B ಯಲ್ಲಿ ವ್ಯಾಯಾಮದ ಹೆಸರು, C ಯಲ್ಲಿ ಕೆ.ಜಿ., D ಯಲ್ಲಿ ರೆಪ್ ಬರುತ್ತವೆ. E ಕಾಲಂ ಸಾಮಾನ್ಯವಾಗಿ ಖಾಲಿ. ವಾರ್ಮ್-ಅಪ್ ಸೆಟ್ ಆದರೆ ಅಲ್ಲಿ W, ಬೇಕೆಂದೇ ಹಗುರವಾಗಿ ಮಾಡಿದ ವಾರದ ಸೆಟ್ ಆದರೆ D ಎಂದು ಬರೆಯಬೇಕು.

ಮುಂದಿನ ಮೂರು ಕಾಲಂಗಳನ್ನು ಹಾಳೆಯೇ ತುಂಬಿಕೊಳ್ಳುತ್ತದೆ. ಈ ಸೂತ್ರಗಳನ್ನು ಕ್ರಮವಾಗಿ F2, G2, H2 ಚೌಕಗಳಲ್ಲಿ ಬರೆದು ಕೆಳಗಿನವರೆಗೆ ಎಳೆಯಬೇಕು:

```
=IF(A2="","",A2-WEEKDAY(A2,2)+1)
=IF(E2="W",0,C2*D2)
=IF(AND(E2="",D2<=12),C2*(1+D2/30),"")
```

ಮೊದಲನೆಯದು ಆ ದಿನಾಂಕ ಯಾವ ಸೋಮವಾರದಿಂದ ಶುರುವಾದ ವಾರಕ್ಕೆ ಸೇರಿದ್ದು ಎಂದು ಹೇಳುತ್ತದೆ. ಫಲಿತಾಂಶ ಐದಂಕಿಯ ಸಂಖ್ಯೆಯಾಗಿ ಕಂಡರೆ ಆ ಕಾಲಂಗೆ ದಿನಾಂಕದ ರೂಪ ಕೊಟ್ಟರಾಯಿತು. ಎರಡನೆಯದು ಭಾರವನ್ನು ರೆಪ್‌ಗಳಿಂದ ಗುಣಿಸುತ್ತದೆ. ಜಿಮ್ ಭಾಷೆಯಲ್ಲಿ ವಾಲ್ಯೂಮ್ ಎನ್ನುವುದು ಇದನ್ನೇ. 40 ಕೆ.ಜಿ.ಯನ್ನು 8 ಸಲ ಎತ್ತಿದರೆ 320. ವಾರ್ಮ್-ಅಪ್ ಇದರಲ್ಲಿ ಸೇರುವುದಿಲ್ಲ.

ಮೂರನೆಯ ಸೂತ್ರ ಈ ಹಾಳೆಯ ಜೀವಾಳ. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಆಟಗಾರರಿಗೆ ಶಕ್ತಿ ತರಬೇತಿ ಕೊಡುತ್ತಿದ್ದ ಬಾಯ್ಡ್ ಎಪ್ಲೆ ಅವರ ಹೆಸರಿನಲ್ಲಿ ಇದು ಬಳಕೆಯಲ್ಲಿದೆ. ಹಲವು ರೆಪ್ ಮಾಡಿದ ಸೆಟ್ ನೋಡಿ, ಆ ವ್ಯಕ್ತಿ ಒಂದೇ ಒಂದು ಸಲಕ್ಕೆ ಅಂದಾಜು ಎಷ್ಟು ಭಾರ ಎತ್ತಬಲ್ಲ ಎಂದು ಇದು ಲೆಕ್ಕ ಹಾಕುತ್ತದೆ. 40 ಕೆ.ಜಿ.ಗೆ 8 ರೆಪ್ ಎಂದರೆ 50.7. ಅದೇ ಭಾರಕ್ಕೆ 10 ರೆಪ್ ಎಂದರೆ 53.3. ಭಾರ ಬದಲಾಗದೆ ರೆಪ್ ಮಾತ್ರ ಏರಿದರೂ, ರೆಪ್ ಇಳಿದು ಭಾರ ಏರಿದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ನೋಡಲು ಇದು ಅನುಕೂಲ. ರೆಪ್ ಹೆಚ್ಚಿದಷ್ಟೂ ಅಂದಾಜು ಸಡಿಲವಾಗುತ್ತದೆ. ಹಾಗಾಗಿ 12ಕ್ಕಿಂತ ಹೆಚ್ಚಿನ ರೆಪ್‌ನ ಸೆಟ್‌ಗಳನ್ನು ಸೂತ್ರ ಕೈಬಿಡುತ್ತದೆ.

ವಾರದ ಲೆಕ್ಕ

ಎರಡನೆಯ ಹಾಳೆ `Weekly`. A ಕಾಲಂನಲ್ಲಿ ವ್ಯಾಯಾಮಗಳ ಹೆಸರು, B1 ರಲ್ಲಿ ಮೊದಲ ಸೋಮವಾರದ ದಿನಾಂಕ, C1 ರಲ್ಲಿ `=B1+7`. ಅದನ್ನು ಬಲಕ್ಕೆ ಎಳೆದರೆ ಮುಂದಿನ ಸೋಮವಾರಗಳು ಸಾಲಾಗಿ ಬರುತ್ತವೆ. B2 ರಲ್ಲಿ ಈ ಸೂತ್ರ:

```
=SUMIFS(Log!$G:$G,Log!$B:$B,$A2,Log!$F:$F,B$1)
```

ಇದನ್ನು ಅಡ್ಡಕ್ಕೂ ಕೆಳಕ್ಕೂ ಎಳೆದರೆ ಪ್ರತಿ ವ್ಯಾಯಾಮದ ವಾರವಾರದ ವಾಲ್ಯೂಮ್ ಸಿದ್ಧ. ಆದರೆ ಈ ಅಂಕಿಯನ್ನು ಅದೇ ವ್ಯಾಯಾಮದ ಹಿಂದಿನ ವಾರದ ಜೊತೆ ಮಾತ್ರ ಹೋಲಿಸಬೇಕು. ಲೆಗ್ ಪ್ರೆಸ್‌ನಲ್ಲಿ ಸಾವಿರಾರು ಕೆ.ಜಿ. ಸುಲಭವಾಗಿ ಕೂಡುತ್ತದೆ. ಡಂಬೆಲ್ ಹಿಡಿದು ಭುಜಕ್ಕೆ ಮಾಡುವ ಲ್ಯಾಟರಲ್ ರೈಸ್‌ನಲ್ಲಿ ಕೆಲವು ನೂರು ದಾಟುವುದೂ ಕಷ್ಟ. ಇದರರ್ಥ ಭುಜಕ್ಕೆ ಕೆಲಸ ಕಡಿಮೆಯಾಯಿತು ಎಂದಲ್ಲ.

ಬೇರೆ ಬೇರೆ ಸ್ನಾಯುಗಳಿಗೆ ಎಷ್ಟು ಕೆಲಸ ಸಿಕ್ಕಿತು ಎಂದು ನೋಡಬೇಕಾದರೆ ಸೆಟ್‌ಗಳನ್ನು ಎಣಿಸುವುದೇ ಸರಿ. ಬ್ರ್ಯಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೂ ವಾರದ ಸೆಟ್‌ಗಳನ್ನೇ ಅಳತೆಗೋಲಾಗಿ ಹಿಡಿದಿತ್ತು. ಒಂದು ಸ್ನಾಯುವಿಗೆ ವಾರಕ್ಕೆ 5ಕ್ಕಿಂತ ಕಡಿಮೆ, 5ರಿಂದ 9, ಮತ್ತು 10 ಅಥವಾ ಹೆಚ್ಚು ಸೆಟ್ ಎಂಬ ಗುಂಪುಗಳನ್ನು ಹೋಲಿಸಿದಾಗ ಸೆಟ್ ಹೆಚ್ಚಾದಂತೆ ಸ್ನಾಯು ಬೆಳವಣಿಗೆಯೂ ಹೆಚ್ಚುವ ಒಲವು ಕಂಡಿತು. ಅದು ಸ್ನಾಯುವಿನ ಗಾತ್ರದ ಮಾತು. ಎತ್ತುವ ಶಕ್ತಿ ಏರುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೇ ಮೂರನೆಯ ಹಾಳೆ.

ನಿಂತದ್ದನ್ನು ಹಿಡಿಯುವ ಬಗೆ

`Stall` ಎಂಬ ಈ ಹಾಳೆಯ B1 ರಲ್ಲಿ ಈ ವಾರದ ಸೋಮವಾರ ಬರಬೇಕು. ಅದಕ್ಕೆ `=TODAY()-WEEKDAY(TODAY(),2)+1` ಎಂದು ಬರೆದರೆ ಸಾಕು. ನಾಲ್ಕನೇ ಸಾಲಿನಿಂದ A ಕಾಲಂನಲ್ಲಿ ವ್ಯಾಯಾಮಗಳ ಹೆಸರು. B4, C4, D4, E4 ಚೌಕಗಳಿಗೆ ಕ್ರಮವಾಗಿ:

```
=MAXIFS(Log!H:H,Log!B:B,A4,Log!F:F,">="&$B$1-21,Log!F:F,"<"&$B$1)
=MAXIFS(Log!H:H,Log!B:B,A4,Log!F:F,">="&$B$1-63,Log!F:F,"<"&$B$1-21)
=COUNTUNIQUEIFS(Log!F:F,Log!B:B,A4,Log!H:H,">0",Log!F:F,">="&$B$1-21,Log!F:F,"<"&$B$1)
=IF(OR(C4=0,D4<3),"ಮಾಹಿತಿ ಸಾಲದು",IF(B4>C4,"ಏರುತ್ತಿದೆ","ನಿಂತಿದೆ"))
```

ಮೊದಲನೆಯದು ಮುಗಿದ ಮೂರು ವಾರಗಳ ಅತ್ಯುತ್ತಮ ಅಂದಾಜು. ಎರಡನೆಯದು ಅದಕ್ಕೂ ಹಿಂದಿನ ಆರು ವಾರಗಳ ಅತ್ಯುತ್ತಮ. ಮೂರನೆಯದು ಕಳೆದ ಮೂರು ವಾರಗಳಲ್ಲಿ ಎಷ್ಟು ವಾರ ಆ ವ್ಯಾಯಾಮ ನಿಜಕ್ಕೂ ನಡೆದಿದೆ ಎಂದು ಎಣಿಸುತ್ತದೆ. ಕೊನೆಯದು ತೀರ್ಪು ಕೊಡುತ್ತದೆ. ನಡೆಯುತ್ತಿರುವ ವಾರವನ್ನು ಬೇಕೆಂದೇ ಹೊರಗಿಡಲಾಗಿದೆ. ಬುಧವಾರವೇ ತೆರೆದು ನೋಡಿದರೆ ಶುಕ್ರವಾರದ ಒಳ್ಳೆಯ ಸೆಟ್ ಇನ್ನೂ ಬಂದಿರುವುದಿಲ್ಲ. ಹಿಂದಿನ ದಾಖಲೆಗೆ ಆರು ವಾರದ ಮಿತಿ ಹಾಕಿದ್ದಕ್ಕೂ ಕಾರಣವಿದೆ. ಕಾಯಿಲೆ ಬಿದ್ದು ಎರಡು ಮೂರು ತಿಂಗಳು ಬಿಟ್ಟು ಬಂದವರನ್ನು ಅವರ ಹಳೆಯ ಅತ್ಯುತ್ತಮದ ಜೊತೆ ಹೋಲಿಸಿದರೆ, ಚೆನ್ನಾಗಿ ಚೇತರಿಸಿಕೊಳ್ಳುತ್ತಿದ್ದರೂ ಹಾಳೆ "ನಿಂತಿದೆ" ಎನ್ನುತ್ತಲೇ ಇರುತ್ತದೆ.

Format ಮೆನುವಿನ Conditional formatting ನಲ್ಲಿ "ನಿಂತಿದೆ" ಎಂಬ ಪದ ಬಂದ ಚೌಕಕ್ಕೆ ಕೆಂಪು ಬಣ್ಣ ಕೊಟ್ಟರೆ ಸೂಚನೆ ತಟ್ಟನೆ ಕಣ್ಣಿಗೆ ಬೀಳುತ್ತದೆ. ಎಕ್ಸೆಲ್‌ನಲ್ಲಿ `COUNTUNIQUEIFS` ಇಲ್ಲ, ಹಾಗಾಗಿ ಈ ವಿಧಾನಕ್ಕೆ ಗೂಗಲ್ ಶೀಟ್ಸ್ ಸಲೀಸು.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ವಾರಕ್ಕೆ ಎರಡು ದಿನ ಬೆಂಚ್ ಪ್ರೆಸ್ ಮಾಡುವ ಒಬ್ಬ ಯುವತಿ ಇದ್ದಾಳೆನ್ನಿ. ಅವಳ ಮೊದಲ ದಾಖಲೆ 2025ರ ಜೂನ್ 2ರ ವಾರದ್ದು. ಆ ವಾರ 40 ಕೆ.ಜಿ.ಗೆ 8 ರೆಪ್‌ನಂತೆ ಆರು ಸೆಟ್, ವಾಲ್ಯೂಮ್ 1,920. ಮುಂದಿನ ವಾರದ ಅತ್ಯುತ್ತಮ ಸೆಟ್ 9 ರೆಪ್, ಅದರ ಮುಂದಿನ ವಾರ 10. ಅಂದಾಜು 50.7ರಿಂದ 52ಕ್ಕೆ, ಅಲ್ಲಿಂದ 53.3ಕ್ಕೆ ಏರಿತು. ಜೂನ್ 23ರ ವಾರ ಅವಳು 42.5 ಕೆ.ಜಿ.ಗೆ ಹೋದಳು, 7 ರೆಪ್ ಬಂತು. ಮುಂದಿನ ಎರಡು ವಾರವೂ ಏಳೇ. ಏಳಕ್ಕಿಂತ ಮೇಲೆ ಹೋಗದಿದ್ದಾಗ ಸೆಟ್‌ಗಳನ್ನು ಹೆಚ್ಚಿಸಿದಳು. ಜುಲೈ 7ರ ವಾರದಲ್ಲಿ ಒಂಬತ್ತು ಸೆಟ್‌ಗಳಲ್ಲಿ ಒಟ್ಟು 54 ರೆಪ್, ವಾಲ್ಯೂಮ್ 2,295.

ಬಾರ್‌ನ ಮೇಲೆ ಭಾರ ಹೆಚ್ಚಿದೆ. ವಾಲ್ಯೂಮ್ ಶೇ. 20ರಷ್ಟು ಏರಿದೆ. ಎರಡೂ ಪ್ರಗತಿಯಂತೆಯೇ ಕಾಣುತ್ತವೆ. ಆದರೆ 42.5 ಕೆ.ಜಿ.ಗೆ 7 ರೆಪ್ ಎಂದರೆ ಅಂದಾಜು 52.4, ಹಿಂದಿನ 53.3ಕ್ಕಿಂತ ಕಡಿಮೆ. ಜುಲೈ 14ರ ಸೋಮವಾರ ಹಾಳೆ ತೆರೆದರೆ ಚೌಕ ಕೆಂಪಾಗಿರುತ್ತದೆ. ಅದು ಹೋಗಲು ಏನಾಗಬೇಕೆಂಬುದೂ ಲೆಕ್ಕದಲ್ಲೇ ಇದೆ: ಅದೇ ಭಾರಕ್ಕೆ 8 ರೆಪ್ ಬಂದರೆ 53.8. ಅಂದರೆ ಅವಳಿಗೆ ಬೇಕಾದದ್ದು ಇನ್ನೂ ಮೂರು ಸೆಟ್ ಅಲ್ಲ, ಒಂದೇ ಒಂದು ರೆಪ್. ಒಂಬತ್ತು ಸೆಟ್‌ನ ದಣಿವೇ ಆ ರೆಪ್‌ಗೆ ಅಡ್ಡಿಯಾಗಿರಬಹುದು. ಒಂದು ವಾರ ಸೆಟ್ ಇಳಿಸಿ ನೋಡಿದರೆ ಅದು ಪರೀಕ್ಷೆಗೆ ಸಿಗುತ್ತದೆ. ಆ ವಾರದ ಸೆಟ್‌ಗಳಿಗೆ D ಹಾಕಿದರೆ ವಾಲ್ಯೂಮ್‌ನಲ್ಲಿ ಎಣಿಕೆಯಾಗುತ್ತವೆ, ಅಂದಾಜಿನ ಲೆಕ್ಕಕ್ಕೆ ಬರುವುದಿಲ್ಲ.

ಹಾಳೆ ತಪ್ಪುವ ಕಡೆ

ಹೆಚ್ಚಿನ ಎಡವಟ್ಟುಗಳು ದಿನಾಂಕ ಮತ್ತು ಹೆಸರಿನಲ್ಲೇ. ಹಾಳೆಯ ಸೆಟ್ಟಿಂಗ್ಸ್‌ನಲ್ಲಿ ಅಮೆರಿಕದ ಕ್ರಮ ಇದ್ದರೆ 7/6 ಎಂದು ಬರೆದ ಜೂನ್ 7, ಜುಲೈ 6 ಆಗಿಬಿಡುತ್ತದೆ. 13/6 ಎಂದು ಬರೆದದ್ದು ದಿನಾಂಕವಾಗದೆ ಬರೀ ಅಕ್ಷರವಾಗಿ ಉಳಿಯುತ್ತದೆ. ಗುರುತಿಸುವುದು ಸುಲಭ: ನಿಜವಾದ ದಿನಾಂಕ ಚೌಕದ ಬಲಕ್ಕೆ ಅಂಟಿರುತ್ತದೆ, ಅಕ್ಷರ ಎಡಕ್ಕೆ. File ಮೆನುವಿನ Settings ನಲ್ಲಿ Locale ಅನ್ನು India ಮಾಡಿದರೆ ತೊಂದರೆ ತಪ್ಪುತ್ತದೆ. ಹೆಸರಿನ ವಿಷಯದಲ್ಲಿ "ಬೆಂಚ್ ಪ್ರೆಸ್" ಮತ್ತು "ಬೆಂಚ್‌ಪ್ರೆಸ್" ಹಾಳೆಗೆ ಎರಡು ಬೇರೆ ವ್ಯಾಯಾಮ. ಹೆಸರನ್ನು ಟೈಪ್ ಮಾಡುವ ಬದಲು Data validation ಮೂಲಕ ಪಟ್ಟಿಯಿಂದ ಆರಿಸುವಂತೆ ಮಾಡಿಟ್ಟರೆ ಇದು ಆಗುವುದಿಲ್ಲ.

ಪುಲ್-ಅಪ್‌ನಂಥ ವ್ಯಾಯಾಮಗಳಲ್ಲಿ C ಕಾಲಂಗೆ ದೇಹದ ತೂಕವನ್ನೂ ಸೇರಿಸಬೇಕು. ಇಲ್ಲದಿದ್ದರೆ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಡಂಬೆಲ್ ಆದರೆ ಒಂದರ ತೂಕವೋ ಎರಡರದ್ದೋ, ಒಮ್ಮೆ ನಿರ್ಧರಿಸಿ ಅದನ್ನೇ ಪಾಲಿಸಬೇಕು. ಸ್ಕ್ವಾಟ್‌ನಲ್ಲಿ ಪೂರ್ತಿ ಕೂರದೆ ಅರ್ಧಕ್ಕೇ ಎದ್ದರೂ ರೆಪ್ ಹೆಚ್ಚುತ್ತದೆ, ಹಾಳೆ ಅದನ್ನೂ ಪ್ರಗತಿ ಎಂದೇ ಎಣಿಸುತ್ತದೆ. ಅದನ್ನು ಹಿಡಿಯುವ ಸೂತ್ರ ಇಲ್ಲ.

ಮೂರು ವಾರದ ಗಡುವು ಹೆಚ್ಚಾಗಿ ಹೊಸಬರಿಗೆ ಹೊಂದುವಂಥದ್ದು. ವರ್ಷಗಟ್ಟಲೆ ಭಾರ ಎತ್ತಿದವರಿಗೆ 2.5 ಕೆ.ಜಿ. ಏರಲು ತಿಂಗಳುಗಳೇ ಬೇಕಾಗಬಹುದು. ಅವರ ಹಾಳೆ ಸದಾ ಕೆಂಪಾಗಿಯೇ ಇರುತ್ತದೆ. ಅಂಥವರು ಸೂತ್ರದಲ್ಲಿ 21 ಇದ್ದಲ್ಲಿ 42, 63 ಇದ್ದಲ್ಲಿ 84, `D4<3` ಬದಲು `D4<6` ಎಂದು ಬದಲಿಸಿಕೊಳ್ಳಬೇಕು. ಹೊಸಬರು ಹಾಳೆ ಶುರುಮಾಡಿದ ಮೊದಲ ನಾಲ್ಕು ವಾರ "ಮಾಹಿತಿ ಸಾಲದು" ಎಂಬುದನ್ನಷ್ಟೇ ನಿರೀಕ್ಷಿಸಿ, ಪ್ರತಿ ಸೆಟ್ ಮುಗಿದ ಕೂಡಲೇ ಬರೆದಿಡುವುದನ್ನು ರೂಢಿಸಿಕೊಳ್ಳಲಿ. ಐದನೇ ಸೋಮವಾರ ಹಾಳೆ ಮೊದಲ ತೀರ್ಪು ಕೊಡುತ್ತದೆ.