ಮನೆಯಲ್ಲಿ ಹಾಲನ್ನು ಇಂಗಿಸಿ ಖೋವಾ ಮಾಡುವ ಕ್ರಮ, ಮತ್ತು ಅದರಿಂದ ಪೇಡೆ, ಬರ್ಫಿಗಳ ತಯಾರಿಕೆ

ಬೆಂಗಳೂರಿನ ಪೂರ್ವಭಾಗದ ಹಳ್ಳಿಗಳಲ್ಲಿ ಮದುವೆ, ನಾಮಕರಣ ಮುಂತಾದ ಶುಭಕಾರ್ಯಗಳು ಒದಗಿದಾಗ, ಮನೆಯ ಯಜಮಾನರು ಜವಳಿಗೆಂದು ಕಮರ್ಷಿಯಲ್ ಸ್ಟ್ರೀಟಿಗೆ ಹೋಗುವುದು ಬಹುಕಾಲದಿಂದ ನಡೆದು ಬಂದಿದೆ. ಜವಳಿಯನ್ನು ಕೊಂಡು ಹಿಂದಿರುಗುವಾಗ ಅಲ್ಲಿಯೇ, ಅಥವಾ ಸಮೀಪದ ಶಿವಾಜಿನಗರದಲ್ಲಿ, ಪೇಡೆಯನ್ನೋ ಬರ್ಫಿಯನ್ನೋ ತೂಕಮಾಡಿಸಿ ತರುವುದೂ ಉಂಟು. ಬೆಳಗ್ಗೆ ತಮ್ಮ ಕೊಟ್ಟಿಗೆಯ ಹಾಲನ್ನು ಸಂಘಕ್ಕೆ ಅಳೆದು, ಸಂಜೆ ಅದೇ ಹಾಲಿನ ಪದಾರ್ಥವನ್ನು ಅಧಿಕ ಬೆಲೆಗೆ ಕೊಳ್ಳುವವರು, ಆ ಪದಾರ್ಥದಲ್ಲಿ ಎಷ್ಟು ಹಾಲು ಸೇರಿರಬೇಕೆಂಬುದನ್ನು ಅರಿತಿರುವುದು ಅಗತ್ಯ. ಅದನ್ನು ಅರಿತವರು ಮನೆಯಲ್ಲಿ ಖೋವಾವನ್ನು ಕೆಡಿಸದೆ ಮಾಡಬಲ್ಲರು. ಅಂಗಡಿಯಲ್ಲಿ ಮೋಸಹೋಗದೆಯೂ ಇರಬಲ್ಲರು.

ಹಾಲಿನ ತೂಕದಿಂದ ಖೋವಾದ ತೂಕ

ಖೋವಾ ಎಂಬುದು ಹೊಸದಾಗಿ ಹುಟ್ಟುವ ವಸ್ತುವಲ್ಲ. ಹಾಲಿನಲ್ಲಿರುವ ನೀರಿನ ಬಹುಭಾಗವು ಆವಿಯಾಗಿ ಹೋದಮೇಲೆ ಉಳಿಯುವ ಘನಪದಾರ್ಥವೇ ಖೋವಾ. ಬರ್ಫಿ, ಪೇಡೆಗಳಿಗೆ ಒದಗುವ ಖೋವಾದಲ್ಲಿ ನೂರಕ್ಕೆ ಸುಮಾರು 70 ಭಾಗ ಘನಾಂಶವೂ 30 ಭಾಗ ನೀರೂ ಇರತಕ್ಕದ್ದು. ಆದುದರಿಂದ ಹಾಲಿನ ಘನಾಂಶವು ಗೊತ್ತಿದ್ದರೆ, ಒಲೆ ಹೊತ್ತಿಸುವುದಕ್ಕೆ ಮುಂಚೆಯೇ ಖೋವಾದ ತೂಕವನ್ನು ಹೇಳಬಹುದು.

ಈ ಘನಾಂಶವನ್ನು ತಿಳಿಯಲು ಬೇರೆ ಪರೀಕ್ಷೆ ಬೇಕಿಲ್ಲ. ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕೊಡುವ ಚೀಟಿಯಲ್ಲಿ ಫ್ಯಾಟ್ ಎಂದು ಜಿಡ್ಡಿನ ಅಂಶವನ್ನೂ, ಎಸ್‌ಎನ್‌ಎಫ್ ಎಂದು ಜಿಡ್ಡಲ್ಲದ ಉಳಿದ ಘನಾಂಶವನ್ನೂ ಬರೆದಿರುತ್ತಾರೆ. ಎರಡನ್ನೂ ಕೂಡಿದರೆ ನೂರು ಭಾಗ ಹಾಲಿನ ಒಟ್ಟು ಘನಾಂಶವು ದೊರೆಯುತ್ತದೆ.

ಒಂದು ಮನೆಯಲ್ಲಿ ಎಮ್ಮೆಯ ಹಾಲು 5 ಕಿಲೋ ಇದೆಯೆಂದೂ, ಚೀಟಿಯಲ್ಲಿ ಜಿಡ್ಡು 6, ಉಳಿದ ಘನಾಂಶ 9 ಎಂದು ಕಾಣಿಸಿದೆಯೆಂದೂ ಇಟ್ಟುಕೊಳ್ಳೋಣ. ಒಟ್ಟು ನೂರಕ್ಕೆ 15. ಆಗ 5 ಕಿಲೋ ಹಾಲಿನಲ್ಲಿ 750 ಗ್ರಾಂ ಘನಪದಾರ್ಥವಿದೆ. ಇದಕ್ಕೆ ಮೇಲೆ ಹೇಳಿದಷ್ಟು ನೀರು ಸೇರಿ ಸುಮಾರು 1,070 ಗ್ರಾಂ ಖೋವಾ ಆಗಬೇಕು. ಬಾಣಲೆಗೂ ಮಗುಚುವ ಕೈಗೂ ಅಂಟಿಕೊಂಡದ್ದು ಕಳೆದು ಒಂದು ಕಿಲೋವಿಗೆ ತುಸು ಹೆಚ್ಚಾಗಿ ಕೈಗೆ ಬರುತ್ತದೆ. ಸೀಮೆಹಸುವಿನ ಹಾಲಿನಲ್ಲಿ ಜಿಡ್ಡು 3.5, ಉಳಿದದ್ದು 8.5 ಇದ್ದರೆ ಒಟ್ಟು 12 ಮಾತ್ರ. ಅದೇ 5 ಕಿಲೋ ಹಾಲಿಗೆ ಸುಮಾರು 855 ಗ್ರಾಂ ಖೋವಾ ಆಗುತ್ತದೆ.

ಹಸುವಿನ ಹಾಲಿನ ಕೊರತೆಯು ತೂಕದಲ್ಲಿ ಮಾತ್ರವಲ್ಲ. ಜಿಡ್ಡು ಕಡಮೆಯಾದುದರಿಂದ ಅದರ ಖೋವಾ ಅಂಟಂಟಾಗಿ, ನಾಲಗೆಗೆ ತುಸು ಉಪ್ಪಾಗಿ, ಬೇಗ ಗಟ್ಟಿಯಾಗುತ್ತದೆ. ನೀರನ್ನು ಬಿಟ್ಟು ಉಳಿದ ಭಾಗದಲ್ಲಿ ನೂರಕ್ಕೆ 30ಕ್ಕೆ ಕಡಮೆಯಿಲ್ಲದಂತೆ ಹಾಲಿನ ಜಿಡ್ಡು ಇರಬೇಕೆಂದು ಈಗಿನ ಆಹಾರ ಸುರಕ್ಷತೆಯ ನಿಯಮಗಳು ವಿಧಿಸುತ್ತವೆ. ಮೇಲಿನ ಹಸುವಿನ ಹಾಲಿನಲ್ಲಿ ಇದು 29 ಮಾತ್ರವಾಗಿ, ಅದರ ಖೋವಾ ಮಾರಾಟಕ್ಕೆ ಅರ್ಹವಾಗದು. ಎಮ್ಮೆಯ ಹಾಲಿನಲ್ಲಾದರೆ 40 ಆಗುತ್ತದೆ. ಎಮ್ಮೆಗಳು ವಿರಳವಾಗಿರುವ ಕಡೆ ಎರಡು ಹಾಲನ್ನೂ ಸಮಭಾಗ ಬೆರೆಸಿದರೆ 35ರಷ್ಟು ದೊರೆತು ಖೋವಾ ಮೃದುವಾಗಿ ಬರುತ್ತದೆ.

ಇಂಗಿಸುವ ಕ್ರಮ

ಹಾಲು ಹೊಸದಾಗಿರತಕ್ಕದ್ದು. ಮೊದಲು ಒಂದು ಸೌಟು ಹಾಲನ್ನು ಬೇರೆಯಾಗಿ ಕುದಿಸಿ ನೋಡಬೇಕು. ಅದು ಒಡೆದರೆ ಆ ಹಾಲು ಖೋವಾಕ್ಕೆ ಆಗದು. ಹುಳಿಯನ್ನು ಮುರಿಯಲು ಕೆಲವರು ಅಡಿಗೆಯ ಸೋಡವನ್ನು ಹಾಕುವರು. ಇದರಿಂದ ಹಾಲು ಒಡೆಯದಿದ್ದರೂ ಖೋವಾ ಕಂದುಬಣ್ಣಕ್ಕೆ ತಿರುಗಿ ಸಾಬೂನಿನ ರುಚಿಯನ್ನು ಪಡೆಯುತ್ತದೆ.

ಅಗಲವಾದ ಬಾಯಿಯುಳ್ಳ, ದಪ್ಪ ತಳದ ಕಬ್ಬಿಣದ ಬಾಣಲೆ ಬೇಕು. ತುಕ್ಕು ಸ್ವಲ್ಪವೂ ಇರಬಾರದು. ಬರಿಯ ಬಾಣಲೆಯನ್ನೂ ಮಗುಚುವ ಕೈಯನ್ನೂ ಮೊದಲೇ ತೂಗಿ, ಆ ತೂಕವನ್ನು ಬರೆದಿಟ್ಟುಕೊಳ್ಳತಕ್ಕದ್ದು. ಇದರ ಪ್ರಯೋಜನವು ಮುಂದೆ ತಿಳಿಯುವುದು. ಐದು ಕಿಲೋ ಹಾಲನ್ನು ಒಂದೇ ಸಲ ಸುರಿಯದೆ ಎರಡೂವರೆ ಕಿಲೋವಿನಂತೆ ಎರಡು ಸಲ ಮಾಡುವುದು ಮೇಲು. ಬಾಣಲೆಯು ಮೂರನೆಯ ಒಂದು ಪಾಲಿಗಿಂತ ಹೆಚ್ಚು ತುಂಬಿದರೆ ಹಾಲು ಉಕ್ಕಿಹೋಗುವುದಲ್ಲದೆ, ಹೆಚ್ಚು ಹೊತ್ತು ಬೆಂದು ಬಣ್ಣವೂ ಕೆಡುವುದು.

ನಿಧಾನವಾಗಿ ಇಂಗಿಸಬೇಕೆಂದರೆ ಮೊದಲಿನಿಂದ ಕೊನೆಯವರೆಗೂ ಸಣ್ಣ ಉರಿಯಲ್ಲಿ ಇಡಬೇಕೆಂದು ಅನೇಕರು ತಿಳಿದಿರುವರು. ಇದು ತಪ್ಪು. ಹಾಲು ನೀರಾಗಿರುವಷ್ಟು ಕಾಲ ಉರಿ ಜೋರಾಗಿರಬೇಕು. ಆಗ ನೀರು ಬೇಗ ಆವಿಯಾಗುತ್ತದೆ. ಹಾಲು ಬೆಳ್ಳಗೆ ಉಳಿಯುತ್ತದೆ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಿದ ಹಾಲು ಅನಾವಶ್ಯಕವಾಗಿ ಕೆಂಪಾಗುತ್ತದೆ. ಜೋರಾದ ಉರಿಯಲ್ಲಿ ಕೈಯನ್ನು ಮಾತ್ರ ನಿಲ್ಲಿಸಕೂಡದು. ಮಗುಚುವ ಕೈಯನ್ನು ತಳಕ್ಕೆ ಒತ್ತಿ ಸುತ್ತಲೂ ಆಡಿಸುತ್ತ, ಅಂಚಿನಲ್ಲಿ ಕಟ್ಟುವ ಕೆನೆಯನ್ನು ಆಗಾಗ ಕೆರೆದು ಒಳಕ್ಕೆ ಸೇರಿಸುತ್ತಿರಬೇಕು.

ಹಾಲು ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚಾಗಿ ಉಳಿದಾಗ ಅದರ ಸ್ವರೂಪವು ಬದಲಾಗುತ್ತದೆ. ಹೊಳಪು ಕಡಮೆಯಾಗಿ, ಸಣ್ಣ ಸಣ್ಣ ಕಣಗಳು ತೋರುತ್ತವೆ. ಹಾಲಿನ ಸಾರಭಾಗವು ಶಾಖದಿಂದ ಗಡ್ಡೆಕಟ್ಟಲು ಆರಂಭಿಸುವುದೇ ಇದರ ಕಾರಣ. ಇದನ್ನು ಕಂಡೊಡನೆ ಉರಿಯನ್ನು ತಗ್ಗಿಸಿ, ಕೈಯ ವೇಗವನ್ನು ಹೆಚ್ಚಿಸತಕ್ಕದ್ದು. ಇಲ್ಲಿಂದ ಮುಂದೆ ಹಾಲಿನಲ್ಲಿರುವ ಸಹಜವಾದ ಸಕ್ಕರೆಯೂ ಸಾರಭಾಗವೂ ತಳಕ್ಕೆ ಹತ್ತುವ ಸಂಭವವು ಅಧಿಕ. ಒಮ್ಮೆ ಸೀದ ವಾಸನೆಯು ಹತ್ತಿದರೆ ಏಲಕ್ಕಿಯಿಂದಾಗಲಿ ಕೇಸರಿಯಿಂದಾಗಲಿ ಅದನ್ನು ಮರೆಸಲಾಗದು. ತಳ ಹಿಡಿಯಿತೆಂದು ತೋರಿದರೆ ಅದನ್ನು ಕೆರೆಯದೆ, ಮೇಲಿನದನ್ನು ಮಾತ್ರ ಬೇರೆ ಪಾತ್ರೆಗೆ ತೆಗೆದು ಮುಂದುವರಿಸಬೇಕು.

ಕೊನೆಗೆ ಮುದ್ದೆಯು ಬಾಣಲೆಯ ಅಂಚನ್ನು ಬಿಟ್ಟು, ಒಂದಾಗಿ ಮಗುಚುವ ಕೈಯೊಡನೆ ಸುತ್ತಲಾರಂಭಿಸುತ್ತದೆ. ಹೊಸಬರು ಈ ಗುರುತನ್ನು ಕಂಡಮೇಲೂ ಸಂಶಯದಿಂದ ಒಲೆಯ ಮೇಲೆಯೇ ಬಿಟ್ಟು ಖೋವಾವನ್ನು ಕಲ್ಲಿನಂತೆ ಮಾಡಿಕೊಳ್ಳುವರು. ಅಥವಾ ಅವಸರದಿಂದ ಇಳಿಸಿ ನೀರಾಗಿಯೇ ಉಳಿಸುವರು. ಮೊದಲು ತೂಗಿಟ್ಟ ಬಾಣಲೆಯು ಇಲ್ಲಿ ಒದಗುತ್ತದೆ. ಬಾಣಲೆಯನ್ನು ಕೈಸಹಿತ ತಕ್ಕಡಿಯ ಮೇಲಿಟ್ಟು, ಬರಿಯ ತೂಕವನ್ನು ಕಳೆದು ನೋಡತಕ್ಕದ್ದು. ಎರಡೂವರೆ ಕಿಲೋ ಎಮ್ಮೆಯ ಹಾಲು 535 ಗ್ರಾಂ ಆಸುಪಾಸಿಗೆ ಇಳಿದಿದ್ದರೆ ಖೋವಾ ಸಿದ್ಧವಾಯಿತು. 600 ಗ್ರಾಂ ಇದ್ದರೆ ಇನ್ನೂ ನೀರಿದೆ. 480ಕ್ಕೆ ಇಳಿದಿದ್ದರೆ ಮಿತಿ ಮೀರಿತು. ಎರಡು ಮೂರು ಸಲ ಹೀಗೆ ತೂಗಿದವರಿಗೆ ಮುಂದೆ ಕಣ್ಣೇ ತಕ್ಕಡಿಯಾಗುತ್ತದೆ. ಒಂದು ಸಲದ ಕೆಲಸಕ್ಕೆ ಒಳ್ಳೆಯ ಉರಿಯಲ್ಲಿ ಮುಕ್ಕಾಲು ಗಂಟೆಯಷ್ಟು ಹಿಡಿಯುತ್ತದೆ. ಒಲೆಯ ಬಲ ಕಡಮೆಯಿದ್ದರೆ ಒಂದು ಗಂಟೆಯೂ ಮೀರುತ್ತದೆ.

ಖೋವಾದಲ್ಲಿ ನೀರು ಉಳಿದಿರುವುದರಿಂದ ಅದು ಬಹುಕಾಲ ನಿಲ್ಲದು. ಹೊರಗಿಟ್ಟರೆ ಎರಡು ದಿನಗಳೊಳಗೆ ಬಳಸಿಬಿಡಬೇಕು. ಮೇಲೆ ಬೂಷ್ಟು ಕಂಡರೆ, ಅಷ್ಟನ್ನು ಮಾತ್ರ ತೆಗೆದು ಉಳಿದುದನ್ನು ಬಳಸುವುದು ಸಲ್ಲದು, ಎಲ್ಲವನ್ನೂ ಬಿಸಾಡತಕ್ಕದ್ದು.

ಪೇಡೆ ಮತ್ತು ಬರ್ಫಿ

ಸಕ್ಕರೆಯನ್ನು ಹಾಲಿಗೆ ಹಾಕದೆ ಖೋವಾಕ್ಕೆ ಹಾಕತಕ್ಕದ್ದು. ಹಾಲಿಗೇ ಹಾಕಿದರೆ ತಳ ಹಿಡಿಯುವುದೂ ಕೆಂಪಾಗುವುದೂ ಹೆಚ್ಚು. ಅರ್ಧ ಕಿಲೋ ಖೋವಾಕ್ಕೆ 150 ಗ್ರಾಂ ಸಕ್ಕರೆ ಸಾಕು.

ಪೇಡೆಗೆ ಖೋವಾವನ್ನು ಪುಡಿಮಾಡಿ ಸಣ್ಣ ಉರಿಯಲ್ಲಿಟ್ಟು ಸಕ್ಕರೆಯನ್ನು ಸೇರಿಸಬೇಕು. ಸಕ್ಕರೆಯು ಕರಗಿದೊಡನೆ ಗಟ್ಟಿಯಾಗಿದ್ದ ಖೋವಾ ಪುನಃ ಸಡಿಲವಾಗುತ್ತದೆ. ಇದನ್ನು ಕಂಡು, ಕೆಟ್ಟಿತೆಂದು ಗಾಬರಿಪಡಬೇಕಾದುದಿಲ್ಲ. ಮಗುಚುತ್ತ ಹೋದರೆ ಮತ್ತೆ ಗಟ್ಟಿಯಾಗುವುದು. ಚಿಟಿಕೆಯಷ್ಟನ್ನು ತೆಗೆದು, ಆರಿಸಿ, ಬೆರಳುಗಳ ನಡುವೆ ಉರುಳಿಸಿದಾಗ ಅಂಟದೆ, ಬಿರುಕು ಬಿಡದೆ ಉಂಡೆಯಾದರೆ ಇಳಿಸಬೇಕು. ಅಂಟಿದರೆ ಇನ್ನೂ ಎಳೆಯದು. ಬಿರುಕು ಬಿಟ್ಟರೆ ಒಂದು ಚಮಚ ಹಾಲನ್ನು ಚಿಮುಕಿಸಿ ನಾದಬೇಕು. ಏಲಕ್ಕಿಪುಡಿ ಬೆರೆಸಿ, ಉಗುರುಬೆಚ್ಚಗಿರುವಾಗಲೇ ಪೇಡೆಗಳನ್ನು ಒತ್ತತಕ್ಕದ್ದು. ಇಪ್ಪತ್ತು ಗ್ರಾಂ ತೂಕದವು ಸುಮಾರು 30 ಆಗುತ್ತವೆ. ಪ್ರಸಿದ್ಧವಾದ ಧಾರವಾಡದ ಪೇಡೆಯಲ್ಲಿ ಇಷ್ಟಕ್ಕೇ ನಿಲ್ಲಿಸದೆ, ಖೋವಾ ಕಂದುಬಣ್ಣಕ್ಕೆ ಬರುವವರೆಗೂ ಹುರಿದು, ಕೊನೆಗೆ ಸಕ್ಕರೆಯ ಪುಡಿಯಲ್ಲಿ ಹೊರಳಿಸುವರು. ನೀರು ಮತ್ತಷ್ಟು ಕಡಮೆಯಾದುದರಿಂದ ಅದು ಬಿಳಿಯ ಪೇಡೆಗಿಂತ ಹೆಚ್ಚು ದಿನ ಕೆಡದೆ ಇರುತ್ತದೆ.

ಬರ್ಫಿಗೆ ಇದೇ ಪ್ರಮಾಣವಾದರೂ, ಉಂಡೆಯ ಹದಕ್ಕೆ ಸ್ವಲ್ಪ ಮುಂಚೆ, ಮುದ್ದೆಯು ಅಂಚನ್ನು ಬಿಡುತ್ತಿರುವಾಗಲೇ ಇಳಿಸಬೇಕು. ತುಪ್ಪ ಸವರಿದ ತಟ್ಟೆಗೆ ಸುರಿದು, ಬೆರಳ ದಪ್ಪಕ್ಕೆ ಸಮಮಾಡಿ, ಐದಾರು ಗಂಟೆ ಅಲುಗಿಸದೆ ಬಿಟ್ಟು ಕೊಯ್ಯತಕ್ಕದ್ದು. ಬಿಸಿಯಲ್ಲಿ ಕೊಯ್ದರೆ ಅಂಚುಗಳು ನಿಲ್ಲವು.

ಅಂಗಡಿಯ ಖೋವಾವನ್ನು ಪರೀಕ್ಷಿಸುವ ಬಗೆ

ದೊಡ್ಡ ಕಾರ್ಯಗಳಿಗೆ ಮನೆಯ ಖೋವಾ ಸಾಲದೆ ಹೋಗಬಹುದು. ಆಗ ಮೇಲಿನ ಲೆಕ್ಕವೇ ಅಳತೆಗೋಲು. ಒಂದು ಕಿಲೋ ಖೋವಾಕ್ಕೆ ಎಮ್ಮೆಯ ಹಾಲಾದರೆ ನಾಲ್ಕೂವರೆಯಿಂದ ಐದು ಕಿಲೋ, ಹಸುವಿನದಾದರೆ ಆರು ಕಿಲೋವಿನಷ್ಟು ಬೇಕು. ಇದಕ್ಕೆ ಉರುವಲೂ ಕೂಲಿಯೂ ಬೇರೆ. ಹಬ್ಬದ ಕಾಲದಲ್ಲಿ ಐದು ಕಿಲೋ ಹಾಲಿನ ಬೆಲೆಗಿಂತ ಅಗ್ಗವಾಗಿ ಒಂದು ಕಿಲೋ ಖೋವಾವನ್ನು ಕೊಡುವುದಾಗಿ ಯಾರಾದರೂ ಹೇಳಿದರೆ, ಅದರಲ್ಲಿ ಹಾಲಲ್ಲದ ಬೇರೇನೋ ಸೇರಿರಬೇಕು, ಇಲ್ಲವೆ ಕೆನೆಯನ್ನು ತೆಗೆದಿರಬೇಕು, ಇಲ್ಲವೆ ನೀರು ಹೆಚ್ಚಾಗಿರಬೇಕು.

ಹಿಟ್ಟು ಬೆರೆತಿದೆಯೇ ಎಂಬುದನ್ನು ಮನೆಯಲ್ಲಿಯೇ ತಿಳಿಯಬಹುದು. ಅಡಿಕೆಯಷ್ಟು ಖೋವಾವನ್ನು ಸ್ವಲ್ಪ ನೀರಿನಲ್ಲಿ ಕುದಿಸಿ, ಪೂರ್ತಿಯಾಗಿ ಆರಿಸಿ, ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ನಿನ ಎರಡು ಹನಿಯನ್ನು ಹಾಕಬೇಕು. ನೀಲಿಯಾದರೆ ಹಿಟ್ಟು ಬೆರೆತಿದೆ. ಬಿಸಿಯಾಗಿರುವಾಗ ಈ ಬಣ್ಣವು ತೋರದ ಕಾರಣ ಆರಿಸುವುದನ್ನು ಮರೆಯಬಾರದು. ಪರೀಕ್ಷಿಸಿದ ಖೋವಾವನ್ನು ಯಾರೂ ತಿನ್ನದಂತೆ ಚೆಲ್ಲಿಬಿಡತಕ್ಕದ್ದು. ಜಿಡ್ಡಿನ ಬದಲು ಅಗ್ಗದ ಎಣ್ಣೆಯನ್ನು ಬೆರೆಸಿದ್ದರೆ ಈ ಪರೀಕ್ಷೆಗೆ ಸಿಕ್ಕದು. ಅದನ್ನು ಪ್ರಯೋಗಶಾಲೆಯಲ್ಲಿ ಮಾತ್ರ ಕಂಡುಹಿಡಿಯಬಹುದು. ಅಂಥಲ್ಲಿ ಗ್ರಾಹಕರಿಗೆ ಮೊದಲ ಎಚ್ಚರಿಕೆಯನ್ನು ಕೊಡತಕ್ಕದ್ದು, ಹಾಲಿನ ತೂಕಕ್ಕೂ ಖೋವಾದ ಬೆಲೆಗೂ ಇರುವ ಮೇಲಿನ ಲೆಕ್ಕವೇ.