ಸಣ್ಣ ಕಾರ್ಖಾನೆ ಕೊಳ್ಳುವ ಮುನ್ನ: ಮೂಲಪತ್ರದಿಂದ ಬಾಕಿ ಮೊಕದ್ದಮೆಯವರೆಗೆ

ನಡೆಯುತ್ತಿರುವ ಸಣ್ಣ ತಯಾರಿಕಾ ಕಂಪನಿಯನ್ನು ಕೊಳ್ಳಲು ಎರಡು ದಾರಿಗಳಿವೆ. ಮಾಲೀಕರ ಷೇರುಗಳನ್ನು ಕೊಳ್ಳುವುದು ಒಂದು. ಜಾಗ, ಯಂತ್ರ, ಆರ್ಡರ್‌ಗಳ ಸಮೇತ ವ್ಯವಹಾರವನ್ನು ಕೊಂಡು ಕಂಪನಿಯನ್ನು ಹಳಬರ ಬಳಿಯೇ ಬಿಡುವುದು ಇನ್ನೊಂದು. ಷೇರು ಕೊಂಡಾಗ ಕಾನೂನಿನ ಕಣ್ಣಿಗೆ ಕಂಪನಿ ಬದಲಾಗುವುದಿಲ್ಲ. ಅದರ ಪ್ಯಾನ್, ಜಿಎಸ್‌ಟಿ ನೋಂದಣಿ, ಸಾಲ, ದಂಡ, ಮೊಕದ್ದಮೆ ಎಲ್ಲವೂ ಹಾಗೆಯೇ ಮುಂದುವರಿಯುತ್ತವೆ. ಬದಲಾಗುವುದು ಹಿಂದಿರುವ ಮನುಷ್ಯರು ಮಾತ್ರ. ಆಸ್ತಿಯನ್ನಷ್ಟೇ ಕೊಂಡರೆ ಹಳೆಯ ಹೊರೆ ಕಳಚುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯ. ವ್ಯವಹಾರ ಕೈ ಬದಲಿಸಿದರೆ ಆ ದಿನದವರೆಗಿನ ಜಿಎಸ್‌ಟಿ ಬಾಕಿಗೆ ಮಾರಿದವರು, ಕೊಂಡವರು ಇಬ್ಬರೂ ಹೊಣೆಯೆಂದು ಕಾಯ್ದೆ ಹೇಳುತ್ತದೆ. ಭವಿಷ್ಯನಿಧಿ ಬಾಕಿಯೂ ಹಾಗೆಯೇ, ಆದರೆ ಕೊಂಡವರ ಹೊಣೆ ಪಡೆದ ಆಸ್ತಿಯ ಮೌಲ್ಯಕ್ಕೆ ಸೀಮಿತ. ನಿಯಮಗಳಲ್ಲಿ ಅವಕಾಶವಿದ್ದರೆ ಹಳೆಯ ಮಾಲೀಕರ ವಿದ್ಯುತ್ ಬಾಕಿಯನ್ನೂ ಹೊಸಬರಿಂದ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಕೆ.ಸಿ. ನಿನಾನ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಹೀಗಾಗಿ ಯಾವ ದಾರಿ ಹಿಡಿದರೂ ತಪಾಸಣೆ ತಪ್ಪುವುದಿಲ್ಲ.

ತಪಾಸಣೆ ಹೇಗೆ ಸಾಗುತ್ತದೆಂದು ನೋಡಲು ಒಂದು ಕಾಲ್ಪನಿಕ ಕಂಪನಿಯನ್ನು ತೆಗೆದುಕೊಳ್ಳಬಹುದು. ನೆಲಮಂಗಲ ತಾಲ್ಲೂಕಿನಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ, ನಲವತ್ತು ಕಾರ್ಮಿಕರು. ಕೆಐಎಡಿಬಿ ಕೊಟ್ಟ ಒಂದು ಎಕರೆಯಲ್ಲಿ ಶೆಡ್ಡು ಮತ್ತು ಸತು ಲೇಪನದ ಸಾಲು. ಪಕ್ಕದಲ್ಲಿ 2008ರಲ್ಲಿ ರೈತ ಕುಟುಂಬವೊಂದರಿಂದ ಕೊಂಡ 20 ಗುಂಟೆಯಲ್ಲಿ ಲೇಪನದ ಕೊಳಕು ನೀರನ್ನು ಸಂಸ್ಕರಿಸುವ ಘಟಕ, ಅಂದರೆ ಇಟಿಪಿ. ಷೇರುಗಳಿಗೆ ಕೇಳುತ್ತಿರುವ ಬೆಲೆ 6 ಕೋಟಿ ರೂಪಾಯಿ.

ಮೊದಲು ಜಾಗ. ಕೆಐಎಡಿಬಿ ನಿವೇಶನದ ಬಗ್ಗೆ ಕೇಳಬೇಕಾದ ಪ್ರಶ್ನೆ, ಕಂಪನಿಯ ಕೈಯಲ್ಲಿರುವುದು ಕ್ರಯಪತ್ರವೋ ಲೀಸ್ ಕಂ ಸೇಲ್ ಒಪ್ಪಂದವೋ ಎಂಬುದು. ಹಂಚಿಕೆ ಪತ್ರ, ಸ್ವಾಧೀನ ಪತ್ರ, ಲೀಸ್ ಕಂ ಸೇಲ್ ಒಪ್ಪಂದ, ಷರತ್ತು ಪೂರೈಸಿದ ಮೇಲೆ ಕ್ರಯಪತ್ರ ಎಂಬುದು ಹಳೆಯ ಹಂಚಿಕೆಗಳ ಕ್ರಮ. ಕ್ರಯಪತ್ರ ಆಗದಿದ್ದರೆ ಕಂಪನಿ ಇನ್ನೂ ಗೇಣಿದಾರ. ಇಷ್ಟು ಜಾಗದಲ್ಲಿ ಇಷ್ಟು ಕಟ್ಟಬೇಕು, ಈ ಉತ್ಪನ್ನವನ್ನೇ ಮಾಡಬೇಕು ಎಂಬ ಷರತ್ತು ಮುರಿದಿದ್ದರೆ ಮಂಡಳಿ ಜಾಗ ಹಿಂಪಡೆಯಬಹುದು. ಷೇರು ಮಾರಾಟದಲ್ಲಿ ಜಾಗ ಕಂಪನಿಯ ಹೆಸರಲ್ಲೇ ಉಳಿಯುವುದರಿಂದ ಮಂಡಳಿಗೆ ತಿಳಿಸುವ ಗೋಜಿಲ್ಲವೆಂದು ಮಾರುವವರು ಹೇಳಿದರೆ ಒಪ್ಪಬಾರದು. ಷೇರುದಾರರು ಅಥವಾ ನಿರ್ದೇಶಕರು ಬದಲಾದರೆ ಅನುಮತಿ ಬೇಕೇ ಎಂಬುದನ್ನು ಒಪ್ಪಂದದ ಸಾಲುಗಳಲ್ಲೇ ಓದಬೇಕು.

ಪಕ್ಕದ 20 ಗುಂಟೆ ಚಿಕ್ಕದು, ತಲೆನೋವು ದೊಡ್ಡದು. ಪಹಣಿಯಲ್ಲಿ ಕಂಪನಿಯ ಹೆಸರಿದೆ, ಭೂಪರಿವರ್ತನೆ ಆದೇಶವಿದೆ, ಋಣಭಾರ ಪತ್ರ ಖಾಲಿ ಇದೆ ಎಂದರೆ ಬಹಳ ಮಂದಿ ಅಲ್ಲಿಗೇ ನಿಲ್ಲುತ್ತಾರೆ. ಆದರೆ ಪಹಣಿಯಾಗಲಿ ಖಾತೆಯಾಗಲಿ ಹಕ್ಕನ್ನು ಕೊಡುವುದಿಲ್ಲ, ಯಾರು ಕಂದಾಯ ಕಟ್ಟುತ್ತಾರೆಂದು ಹೇಳುತ್ತದೆ ಅಷ್ಟೆ. ಹಕ್ಕು ಬರುವುದು ಮೂಲದಿಂದ ಇವತ್ತಿನವರೆಗೆ ಕೊಂಡಿ ತಪ್ಪದ ಪತ್ರಗಳಿಂದ. ಆ ಮೂಲದಲ್ಲಿ ಮುಖ್ಯವಾಗಿ ಎರಡು ಸಂಗತಿ ಹುಡುಕಬೇಕು.

ಒಂದು, ಈ ಜಮೀನು ಎಂದಾದರೂ ಸರ್ಕಾರ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರು ಮಾಡಿದ್ದೇ ಎಂಬುದು. ಹಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ಅಸಿಂಧು. ಎಷ್ಟು ಕೈ ದಾಟಿದ್ದರೂ ಮೂಲ ಮಂಜೂರುದಾರರ ವಾರಸುದಾರರು ಮರಳಿ ಕೇಳಬಹುದು. ತೀರಾ ತಡವಾಗಿ ಬಂದ ಅರ್ಜಿಗಳನ್ನು ನ್ಯಾಯಾಲಯಗಳು ತಳ್ಳಿಹಾಕುತ್ತಿದ್ದವು. 2023ರ ತಿದ್ದುಪಡಿ ಅಂಥ ಅರ್ಜಿಗೆ ಕಾಲಮಿತಿಯೇ ಇಲ್ಲವೆಂದಿತು. ಋಣಭಾರ ಪತ್ರದಲ್ಲಿ ಇದು ಕಾಣುವುದಿಲ್ಲ. ಸಾಗುವಳಿ ಚೀಟಿ, ಹಳೆಯ ಮ್ಯುಟೇಷನ್ ದಾಖಲೆ, ಮಂಜೂರಾತಿ ವಹಿ ಇವುಗಳನ್ನು ತಹಶೀಲ್ದಾರ್ ಕಚೇರಿಯಿಂದ ದೃಢೀಕೃತ ಪ್ರತಿ ಪಡೆದೇ ನೋಡಬೇಕು.

ಎರಡು, ಮಾರಿದ ಕುಟುಂಬದ ವಂಶವೃಕ್ಷ. ನಮ್ಮ ಉದಾಹರಣೆಯಲ್ಲಿ 2008ರ ಕ್ರಯಪತ್ರಕ್ಕೆ ತಂದೆ ಮತ್ತು ಇಬ್ಬರು ಗಂಡುಮಕ್ಕಳು ಸಹಿ ಹಾಕಿದ್ದಾರೆ. ವಂಶವೃಕ್ಷದಲ್ಲಿ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ, ಅವರ ಸಹಿ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟು ಹಕ್ಕು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ಮಾರಾಟಗಳನ್ನು ಮಾತ್ರ ಕೆದಕಲಿಲ್ಲ. ಈ ಮಾರಾಟ ಆ ರಕ್ಷಣೆಯ ಆಚೆ ಬೀಳುತ್ತದೆ. ಕುಟುಂಬದ ಅಗತ್ಯಕ್ಕಾಗಿ ಯಜಮಾನ ಮಾರಿದನೆಂದು ವಾದಿಸಲು ಅವಕಾಶವಿದೆ, ಆದರೆ ಅದನ್ನು ಕೊಂಡವರೇ ಸಾಬೀತು ಮಾಡಬೇಕು. ಐವರಿಗೆ ಸಮಪಾಲಾದರೆ ಇಬ್ಬರು ಹೆಣ್ಣುಮಕ್ಕಳ ಪಾಲು 8 ಗುಂಟೆ. ಇಟಿಪಿ ನಿಂತಿರುವುದು ಇಲ್ಲೇ ಆದ್ದರಿಂದ ಅದು ಬರೀ 8 ಗುಂಟೆಯ ಮಾತಲ್ಲ.

ಜಾಗದ ಮೇಲಿನ ಸಾಲಕ್ಕೆ ಮೂರು ಕಡೆ ಹುಡುಕಬೇಕು. ಮೂಲಪತ್ರವನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಋಣಭಾರ ಪತ್ರದಲ್ಲಿ ಕಾಣದೇ ಹೋಗುವುದುಂಟು. ಅದಕ್ಕೇ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿರುವ ಚಾರ್ಜ್ ಪಟ್ಟಿ ಮತ್ತು ಸೆರ್ಸಾಯ್ ದಾಖಲೆಯನ್ನೂ ತೆಗೆಸುತ್ತಾರೆ. ಸಾಲ ತೀರಿದ್ದರೂ ಸಿಎಚ್‌ಜಿ-4 ಅರ್ಜಿ ಸಲ್ಲಿಸದೆ ಚಾರ್ಜ್ ತೆರೆದೇ ಉಳಿದಿರುವುದು ಸಾಮಾನ್ಯ. ಬ್ಯಾಂಕಿನಿಂದ ಬಾಕಿಯಿಲ್ಲದ ಪತ್ರ ತಂದರೆ ಮುಗಿಯಿತು. ಹೆದರಬೇಕಾದದ್ದು ಇನ್ನೊಂದಕ್ಕೆ: ಮಾಲೀಕರ ಬೇರೊಂದು ಸಂಸ್ಥೆಯ ಸಾಲಕ್ಕೆ ಈ ಕಂಪನಿಯ ಆಸ್ತಿ ಅಡವಾಗಿರುವುದು. ಆ ಸಾಲ ಈ ಕಂಪನಿಯ ಸಾಲದ ಪಟ್ಟಿಯಲ್ಲಿ ಇರುವುದೇ ಇಲ್ಲ.

ಷೇರುಗಳ ವಿಚಾರ ಬೇಗ ಮುಗಿಯುತ್ತದೆ. ಸದಸ್ಯರ ವಹಿ, ಹಳೆಯ ವರ್ಗಾವಣೆ ಪತ್ರಗಳು, ತೀರಿಕೊಂಡ ಷೇರುದಾರರ ವಾರಸುದಾರರ ಒಪ್ಪಿಗೆ, ಹೊರಗಿನವರಿಗೆ ಮಾರುವ ಮೊದಲು ಉಳಿದ ಷೇರುದಾರರಿಗೆ ಕೊಡಬೇಕೆಂಬ ನಿಯಮ ಕಂಪನಿಯ ಆರ್ಟಿಕಲ್ಸ್‌ನಲ್ಲಿದೆಯೇ ಎಂಬುದು. ಅಷ್ಟನ್ನು ಕಂಪನಿ ಕಾರ್ಯದರ್ಶಿಯೊಬ್ಬರು ಪರಿಶೀಲಿಸಿಕೊಡಬಲ್ಲರು.

ಪರವಾನಗಿಗಳಲ್ಲಿ ಕಾಗದ ಇದೆಯೇ ಎಂದಷ್ಟೇ ನೋಡಿದರೆ ಸಾಲದು, ಕಾಗದ ಮತ್ತು ಕಾರ್ಖಾನೆ ಹೊಂದುತ್ತವೆಯೇ ಎಂದು ನೋಡಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಕಾರ್ಯಾಚರಣೆ ಸಮ್ಮತಿ ಇಷ್ಟು ಉತ್ಪಾದನೆಗೆ, ಇಷ್ಟು ತ್ಯಾಜ್ಯನೀರಿಗೆ ಎಂದು ಅಳತೆ ಹಾಕಿ ಕೊಟ್ಟಿರುತ್ತದೆ. ಮಾರಾಟದ ಬಿಲ್ಲುಗಳು ಅದರ ಎರಡರಷ್ಟು ಉತ್ಪಾದನೆ ತೋರಿಸಿದರೆ ಸಮ್ಮತಿಯಿದ್ದೂ ಇಲ್ಲದಂತೆ. ಲೇಪನದ ಸಾಲಿರುವಲ್ಲಿ ಒಂದು ಸುಲಭ ಪರೀಕ್ಷೆಯಿದೆ. ಸತು, ಆಮ್ಲ ಖರೀದಿಸಿದ ಬಿಲ್ಲುಗಳಿವೆ, ಆದರೆ ಇಟಿಪಿಯ ಕೆಸರನ್ನು ಅಧಿಕೃತ ವಿಲೇವಾರಿ ಘಟಕಕ್ಕೆ ಸಾಗಿಸಿದ ಫಾರ್ಮ್ 10 ರಸೀದಿಗಳಿಲ್ಲ ಎಂದರೆ ಕೆಸರು ಬೇರೆಲ್ಲೋ ಹೋಗಿದೆ. ಎಲ್ಲಿಗೆಂದು ಹಿತ್ತಿಲನ್ನು ಒಮ್ಮೆ ಸುತ್ತಿ ಬಂದರೂ ತಿಳಿದೀತು. ಪರಿಸರ ಪರಿಹಾರದ ಆದೇಶ ಬಂದರೆ ಅದನ್ನು ಕಟ್ಟುವುದು ಕಂಪನಿ, ಅಂದರೆ ಹೊಸ ಮಾಲೀಕರು.

ಕಾರ್ಮಿಕರ ಬಾಬತ್ತಿನಲ್ಲಿ ಭವಿಷ್ಯನಿಧಿ, ಇಎಸ್‌ಐ ಚಲನ್‌ಗಳನ್ನು ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿದರೆ ಹೆಸರು ಬಿಟ್ಟವರು ಸಿಗುತ್ತಾರೆ. ಲೆಕ್ಕಕ್ಕೆ ಸಿಗದೆ ಕೂತಿರುವುದು ಗ್ರಾಚ್ಯುಟಿ. ಮಾಸಿಕ 20,800 ರೂಪಾಯಿ ವೇತನದ, 20 ವರ್ಷ ದುಡಿದ ಕಾರ್ಮಿಕನಿಗೆ ವರ್ಷಕ್ಕೆ 15 ದಿನದಂತೆ, ತಿಂಗಳಿಗೆ 26 ದಿನ ಹಿಡಿದು, 2.4 ಲಕ್ಷ ಕೊಡಬೇಕಾಗುತ್ತದೆ. ಅಂಥ 12 ಮಂದಿ ಇದ್ದರೆ 28.8 ಲಕ್ಷ. ಸಣ್ಣ ಕಂಪನಿಗಳು ಇದಕ್ಕೆ ಹಣ ತೆಗೆದಿಡುವುದು ಅಪರೂಪ. ಹೊಸ ಕಾರ್ಮಿಕ ಸಂಹಿತೆಗಳಲ್ಲಿ ವೇತನದ ವ್ಯಾಖ್ಯೆ ವಿಸ್ತಾರವಾಗಿರುವುದರಿಂದ ಮೂಲ ವೇತನ ಕಡಿಮೆ ತೋರಿಸಿ ಭತ್ಯೆ ಹೆಚ್ಚಿಸಿದ್ದ ಕಡೆ ಈ ಮೊತ್ತ ಇನ್ನೂ ಏರುತ್ತದೆ. ಇದು ವಿವಾದವಲ್ಲ, ಖಚಿತ ಸಾಲ. ನೇರವಾಗಿ ಬೆಲೆಯಿಂದ ಕಳೆಯಬೇಕು.

ಕೊನೆಯದು ಮೊಕದ್ದಮೆ. ಯಾವ ಕೇಸೂ ಇಲ್ಲ ಎಂಬ ಮಾರುವವರ ಹೇಳಿಕೆಯನ್ನು ಬರಹದಲ್ಲಿ ಪಡೆಯಬೇಕು, ನಂಬಬೇಕಾಗಿಲ್ಲ. ಇ-ಕೋರ್ಟ್ಸ್‌ನಲ್ಲಿ ಪಕ್ಷಕಾರರ ಹೆಸರಿನಿಂದ ಹುಡುಕಬಹುದು; ಆದರೆ ಕಂಪನಿಯ ಹಳೆಯ ಹೆಸರು, ಹಿಂದಿನ ಪಾಲುದಾರಿಕೆ ಸಂಸ್ಥೆಯ ಹೆಸರು, ನಿರ್ದೇಶಕರ ಹೆಸರು, ಜಮೀನು ಮಾರಿದವರ ಹೆಸರು ಎಲ್ಲವನ್ನೂ ಕೊಟ್ಟು ಹುಡುಕದಿದ್ದರೆ ಪ್ರಯೋಜನವಿಲ್ಲ. ನಮ್ಮ ಉದಾಹರಣೆಯಲ್ಲಿ ಹೆಣ್ಣುಮಕ್ಕಳು ನೆಲಮಂಗಲದ ನ್ಯಾಯಾಲಯದಲ್ಲಿ ಹೂಡಿದ ಪಾಲಿನ ದಾವೆಯಲ್ಲಿ ಪ್ರತಿವಾದಿ ಎಂದಿರುವುದು ಕಂಪನಿಯ ಹಳೆಯ ಹೆಸರು. ಈಗಿನ ಹೆಸರಿನಿಂದ ಹುಡುಕಿದವರಿಗೆ ಏನೂ ಸಿಗದು. ಜಮೀನು ಮಾರಿದ ತಂದೆಯ ಹೆಸರು ಹಾಕಿದವರಿಗೆ ಸಿಗುತ್ತದೆ. ಇನ್ನೊಂದು ಜಾಡು ಕಂಪನಿಯ ಲೆಕ್ಕಪುಸ್ತಕದಲ್ಲೇ ಇದೆ: ವಕೀಲರ ಶುಲ್ಕದ ಲೆಡ್ಜರ್. ಮೂರು ವರ್ಷದ ವೋಚರ್‌ಗಳಲ್ಲಿ ಯಾವ ವಕೀಲರಿಗೆ ಯಾವ ಊರಿನ ಕೋರ್ಟಿಗಾಗಿ ಹಣ ಹೋಗಿದೆಯೆಂದು ನೋಡಿದರೆ, ಬಾಯಿ ಮುಚ್ಚಿಕೊಂಡ ಕೇಸುಗಳು ಹೊರಬರುತ್ತವೆ.

ಸಿವಿಲ್ ಕೋರ್ಟಿನ ಪಟ್ಟಿಯಲ್ಲಿ ಕಾಣದವೂ ಇವೆ. ಸಣ್ಣ ಪೂರೈಕೆದಾರರು ಬಾಕಿ ವಸೂಲಿಗೆ ಹೋಗುವ ಎಂಎಸ್‌ಎಂಇ ಫೆಸಿಲಿಟೇಶನ್ ಕೌನ್ಸಿಲ್ ಅಂಥದ್ದು. 2006ರ ಕಾಯ್ದೆಯಂತೆ ತಡವಾದ ಹಣಕ್ಕೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಎಂದಿಟ್ಟುಕೊಂಡರೆ ಬಡ್ಡಿ ಶೇ 18. 20 ಲಕ್ಷದ ಬಾಕಿ ನಾಲ್ಕು ವರ್ಷದಲ್ಲಿ ಸುಮಾರು 41 ಲಕ್ಷವಾಗುತ್ತದೆ. ಆದೇಶವನ್ನು ಪ್ರಶ್ನಿಸಲು ಕಂಪನಿ ಮೊದಲು ಅದರ ಶೇ 75ರಷ್ಟು, ಅಂದರೆ 31 ಲಕ್ಷದ ಹತ್ತಿರ ಠೇವಣಿ ಇಡಬೇಕು. ಆಸ್ತಿ-ಹೊಣೆ ಪಟ್ಟಿಯಲ್ಲಿ ಮಾತ್ರ ಅದು 20 ಲಕ್ಷದ ಮಾಮೂಲಿ ಬಾಕಿಯಾಗಿ ಕೂತಿರುತ್ತದೆ. ತೆರಿಗೆ ನೋಟಿಸುಗಳನ್ನೂ ಹಾಗೆಯೇ ಕಂಪನಿಯ ಜಿಎಸ್‌ಟಿ, ಆದಾಯ ತೆರಿಗೆ ಖಾತೆಗಳಿಗೆ ಎದುರಿನಲ್ಲೇ ಲಾಗಿನ್ ಮಾಡಿಸಿ ನೋಡಬೇಕು, ಮುದ್ರಿತ ಪ್ರತಿಯಲ್ಲಲ್ಲ.

ಸಿಕ್ಕಿದ್ದನ್ನೆಲ್ಲ ಒಪ್ಪಂದಕ್ಕೆ ಇಳಿಸುವಾಗ ಒಂದೊಂದಕ್ಕೂ ಒಂದೊಂದು ಮದ್ದು. ಗ್ರಾಚ್ಯುಟಿಯ 28.8 ಲಕ್ಷ ಬೆಲೆಯಲ್ಲಿ ಕಡಿತ. ಕೌನ್ಸಿಲ್‌ನ ವಿವಾದಕ್ಕೆ 41 ಲಕ್ಷ, ಮುಂದೆ ಏರುವ ಬಡ್ಡಿಗೆ ಇನ್ನಷ್ಟು ಸೇರಿಸಿ, ತೀರ್ಪು ಬರುವವರೆಗೆ ಎಸ್ಕ್ರೋ ಖಾತೆಯಲ್ಲಿ. ಕೆಐಎಡಿಬಿ ಅನುಮತಿ ಬೇಕಿದ್ದರೆ ಅದು ಕೈಗೆ ಬಂದ ಮೇಲಷ್ಟೇ ಷೇರು ವರ್ಗಾವಣೆ. ಪಾಲಿನ ದಾವೆಗೆ ಹಣ ಹಿಡಿದಿಟ್ಟರೆ ಸಾಲದು, ಯಾಕೆಂದರೆ ಇಟಿಪಿಯ ಜಾಗ ಹೋದರೆ ಕಾರ್ಯಾಚರಣೆ ಸಮ್ಮತಿಯೂ ಕುಸಿದು ಲೇಪನದ ಸಾಲು ನಿಲ್ಲುತ್ತದೆ. ಮಾರುವವರು ಹೆಣ್ಣುಮಕ್ಕಳಿಗೆ ಹಣ ಕೊಟ್ಟು ನ್ಯಾಯಾಲಯದಲ್ಲಿ ರಾಜಿ ಡಿಕ್ರಿ ಮಾಡಿಸಿಕೊಳ್ಳಬೇಕು, ಇಲ್ಲವೇ ಇಟಿಪಿಯನ್ನು ಕೆಐಎಡಿಬಿ ಜಾಗಕ್ಕೆ ಸ್ಥಳಾಂತರಿಸುವ ವೆಚ್ಚ ಮತ್ತು ಹೊಸ ಸಮ್ಮತಿ ಸಿಗುವವರೆಗಿನ ನಷ್ಟ ಬೆಲೆಯಿಂದ ಇಳಿಯಬೇಕು. ಎರಡಕ್ಕೂ ಒಪ್ಪದಿದ್ದರೆ 6 ಕೋಟಿಯ ಮಾತನ್ನು ಅಲ್ಲಿಗೇ ಬಿಡುವುದು ಲೇಸು. ಒಪ್ಪಿದರೆ, ಸಹಿಯ ಹಿಂದಿನ ದಿನ ಋಣಭಾರ ಪತ್ರ, ಚಾರ್ಜ್ ಪಟ್ಟಿ ಮತ್ತು ಇ-ಕೋರ್ಟ್ಸ್ ಹುಡುಕಾಟವನ್ನು ಮತ್ತೊಮ್ಮೆ ಮಾಡಿಸಿ, ಮಾತುಕತೆ ನಡೆದ ತಿಂಗಳುಗಳಲ್ಲಿ ಹೊಸದೇನೂ ಹುಟ್ಟಿಲ್ಲವೆಂದು ಖಚಿತಪಡಿಸಿಕೊಂಡೇ ಹಣ ಬಿಡುಗಡೆ ಮಾಡಬೇಕು.