ಊಹೆ, ನಿರ್ಬಂಧ, ಅವಲಂಬನೆ: ಒಂದು ಮನೆಯ ಲೆಕ್ಕದಲ್ಲಿ

ಪುರಾವೆ ಇನ್ನೂ ಕೈಗೆ ಬಂದಿಲ್ಲದಿದ್ದರೂ ನಿಜವೆಂದೇ ಹಿಡಿದು ಲೆಕ್ಕ ಹಾಕಿದ ಸಂಗತಿ ಊಹೆ. ಕೆಲಸ ಮಾಡುವವರು ತಮ್ಮಷ್ಟಕ್ಕೆ ಬದಲಿಸಲಾಗದ ಮಿತಿ ನಿರ್ಬಂಧ. ಇನ್ನೊಬ್ಬರಿಂದ ಅಥವಾ ಇನ್ನೊಂದು ಕೆಲಸದಿಂದ ಬರಬೇಕಾದದ್ದು ಬರುವವರೆಗೆ ಮುಂದೆ ಹೋಗಲು ಆಗದಿದ್ದರೆ ಅದು ಅವಲಂಬನೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಇವಕ್ಕೆ ಅಸಂಪ್ಷನ್, ಕನ್‌ಸ್ಟ್ರೇಂಟ್, ಡಿಪೆಂಡೆನ್ಸಿ ಎನ್ನುತ್ತಾರೆ. ಅಮೆರಿಕದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ 2017ರಲ್ಲಿ ಹೊರತಂದ ತನ್ನ ಕೈಪಿಡಿಯ ಆರನೆಯ ಆವೃತ್ತಿಯಲ್ಲಿ, ಕೆಲಸಕ್ಕೆ ಒಪ್ಪಿಗೆ ಸಿಗುವ ಹಂತದಲ್ಲೇ ಊಹೆ ಮತ್ತು ನಿರ್ಬಂಧಗಳ ಒಂದು ದಾಖಲೆಯನ್ನು ತೆರೆಯಬೇಕೆಂದು ಹೇಳಿದೆ. ಅವಲಂಬನೆಗಳನ್ನೂ ಅದೇ ಪುಸ್ತಕದಲ್ಲಿ ಬರೆದಿಡುವವರು ಬಹಳ ಮಂದಿ.

ಮೂರನ್ನೂ ಬೇರ್ಪಡಿಸುವ ಸುಲಭ ದಾರಿಯೆಂದರೆ ಪ್ರತಿಯೊಂದಕ್ಕೂ ಅದರದೇ ಪ್ರಶ್ನೆ ಕೇಳುವುದು. ಊಹೆಗೆ ‘ಇದು ನಿಜವೇ, ಹೇಗೆ ಗೊತ್ತಾಗುತ್ತದೆ’ ಎಂದು ಕೇಳಬೇಕು. ನಿರ್ಬಂಧಕ್ಕೆ ‘ಇದನ್ನು ಹಾಕಿದವರು ಯಾರು, ಸಡಿಲಿಸುವ ಅಧಿಕಾರ ಯಾರಿಗಿದೆ’ ಎಂದು ಕೇಳಬೇಕು. ಅವಲಂಬನೆಗೆ ‘ಯಾರು ಕೊಡಬೇಕು, ಯಾವಾಗ’ ಎಂದು ಕೇಳಬೇಕು. ಪರೀಕ್ಷಿಸಿ ನೋಡಬಹುದಾದದ್ದು ಊಹೆ ಮಾತ್ರ. ನಿರ್ಬಂಧವನ್ನು ಒಪ್ಪಿಕೊಳ್ಳಬೇಕು, ಇಲ್ಲವೇ ಹಾಕಿದವರ ಬಳಿ ಹೋಗಿ ಮಾತಾಡಬೇಕು. ಅವಲಂಬನೆಯ ಬೆನ್ನು ಹತ್ತಬೇಕು. ಮಾಡಬೇಕಾದ ಕೆಲಸವೇ ಬೇರೆ ಬೇರೆ ಇರುವುದರಿಂದ ಈ ವಿಂಗಡಣೆ ಬೇಕಾಗುತ್ತದೆ.

ಮನೆ ಕಟ್ಟುವ ಕೆಲಸದಲ್ಲಿ ಈ ಮೂರೂ ಕಣ್ಣಿಗೆ ಕಾಣುವಂತೆ ಇರುತ್ತವೆ. ಹುಬ್ಬಳ್ಳಿಯಲ್ಲಿ 30x40 ಅಡಿ ಸೈಟಿನ ಮೇಲೆ ಒಂದು ಕುಟುಂಬ ಒಂದಂತಸ್ತಿನ ಮನೆ ಕಟ್ಟಲು ಹೊರಟಿದೆ ಎಂದಿಟ್ಟುಕೊಳ್ಳೋಣ. ಕೈಯಲ್ಲಿರುವ ಉಳಿತಾಯ 12 ಲಕ್ಷ, ಬ್ಯಾಂಕ್ ಮಂಜೂರು ಮಾಡಿದ ಸಾಲ 20 ಲಕ್ಷ. ದೀಪಾವಳಿ ಮುಗಿದ ಮೇಲೆ ಪಾಯ ತೆಗೆಯುವುದು, ಜ್ಯೇಷ್ಠದೊಳಗೆ ಗೃಹಪ್ರವೇಶ ಮಾಡುವುದು ಎಂಬುದು ಅವರ ಯೋಚನೆ.

ಇಲ್ಲಿ ನಿರ್ಬಂಧಗಳು ಬೇಗ ಸಿಗುತ್ತವೆ. ಒಟ್ಟು ಖರ್ಚು 32 ಲಕ್ಷ ದಾಟುವಂತಿಲ್ಲ. ಸೈಟಿನ ಸುತ್ತ ಪಾಲಿಕೆಯ ನಿಯಮದಷ್ಟು ಜಾಗ ಬಿಡಲೇಬೇಕು. ಆಷಾಢದಲ್ಲಿ ಗೃಹಪ್ರವೇಶ ಇಲ್ಲ. ಮೂರೂ ಮಿತಿಗಳೇ ಆದರೂ ಮೂರಕ್ಕೂ ಒಡೆಯರು ಬೇರೆ. ಆಷಾಢದ ಮಾತನ್ನು ಮನೆಯ ಹಿರಿಯರು ಹೇಳಿದ್ದು. ಅವರು ಮನಸ್ಸು ಮಾಡಿದರೆ ಶ್ರಾವಣಕ್ಕೆ ಮುಂದೂಡಬಹುದು. ಪಾಲಿಕೆಯ ನಿಯಮ ಮನೆಯವರ ಮಾತಿಗೆ ಬಗ್ಗುವುದಿಲ್ಲ. ಆದ್ದರಿಂದ ಪುಸ್ತಕದಲ್ಲಿ ನಿರ್ಬಂಧದ ಎದುರಿಗೆ ಅದರ ಮೂಲವನ್ನು ಬರೆಯಬೇಕು. ಮೂಲ ಹುಡುಕುವಾಗ ಕೆಲವು ನಿರ್ಬಂಧಗಳು ಕರಗಿಹೋಗುವುದೂ ಉಂಟು. ‘ಕಬ್ಬಿಣವನ್ನು ಇದೇ ಅಂಗಡಿಯಿಂದ ತರಬೇಕು’ ಎಂದು ಮೇಸ್ತ್ರಿ ಹೇಳಿದ್ದನ್ನು ಎಲ್ಲರೂ ನಿಯಮವೆಂದೇ ನಂಬಿರುತ್ತಾರೆ. ಯಾರು ಹಾಕಿದ ನಿಯಮ ಎಂದು ಕೇಳಿದರೆ, ಆ ಅಂಗಡಿಯಲ್ಲಿ ಉದ್ದರಿ ಸಿಗುತ್ತದೆ ಎಂಬುದಷ್ಟೇ ಹೊರಬೀಳುತ್ತದೆ. ಅದು ನಿರ್ಬಂಧವಲ್ಲ, ರೂಢಿ. ಬರೆಯುವ ಅಗತ್ಯವಿಲ್ಲ.

ಊಹೆಗಳನ್ನು ಹಿಡಿಯುವುದು ಇದಕ್ಕಿಂತ ಕಷ್ಟ, ಏಕೆಂದರೆ ಅವು ಊಹೆಗಳೆಂದು ಮಾಡಿದವರಿಗೇ ತೋರುವುದಿಲ್ಲ. ಹುಬ್ಬಳ್ಳಿಯ ನೆಲ ಬಹುಪಾಲು ಎರೆಮಣ್ಣು. ಅದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಪಾಯ ಎರೆಯಲ್ಲೇ ನಿಂತರೆ ಗೋಡೆಯೂ ಅದರ ಜೊತೆ ಬಿರುಕು ಬಿಡುತ್ತದೆ. ಹೀಗಾಗಿ ಎರೆಯನ್ನು ದಾಟಿ ಗಟ್ಟಿ ಗರಸು ಸಿಗುವವರೆಗೆ ಅಗೆಯುತ್ತಾರೆ. ಈ ಕುಟುಂಬದ ಅಂದಾಜುಪಟ್ಟಿಯಲ್ಲಿ ಪಾಯದ ಆಳ 5 ಅಡಿ ಎಂದಿದೆ. ಅದು ಎಲ್ಲಿಂದ ಬಂತು? ಹಿಂದಿನ ರಸ್ತೆಯ ಮನೆಗೆ ಅಷ್ಟೇ ತೆಗೆದಿದ್ದರು ಎಂದು ಮೇಸ್ತ್ರಿ ಹೇಳಿದ್ದರಿಂದ. ಅಂದಾಜುಪಟ್ಟಿಯಲ್ಲಿ ಅಂಕಿಯಾಗಿ ಕೂತ ಮೇಲೆ ಅದು ಅಳೆದು ಬರೆದದ್ದರಂತೆಯೇ ಕಾಣುತ್ತದೆ. ಅದನ್ನು ಪುಸ್ತಕದಲ್ಲಿ ಹೀಗೆ ಬರೆಯಬೇಕು:

‘ಊಹೆ 1. ಸೈಟಿನ ನಾಲ್ಕೂ ಮೂಲೆಯಲ್ಲಿ 5 ಅಡಿಯೊಳಗೆ ಗಟ್ಟಿ ಗರಸು ಸಿಗುತ್ತದೆ. ಆಧಾರ: ಹಿಂದಿನ ರಸ್ತೆಯ ಮನೆಯ ಬಗ್ಗೆ ಮೇಸ್ತ್ರಿಯ ಮಾತು. ತಪ್ಪಾದರೆ: ಅಗೆತ, ಕಾಂಕ್ರೀಟು, ಕಬ್ಬಿಣ ಮೂರೂ ಹೆಚ್ಚುತ್ತವೆ, ಪಾಯದ ವಿನ್ಯಾಸ ಬದಲಾಗಬಹುದು. ಪರೀಕ್ಷೆ: ಎದುರುಬದುರು ಎರಡು ಮೂಲೆಯಲ್ಲಿ ಗುಂಡಿ ತೆಗೆದು ಎಂಜಿನಿಯರ್‌ಗೆ ತೋರಿಸುವುದು. ಯಾವಾಗ: ಕಬ್ಬಿಣಕ್ಕೆ ಆರ್ಡರ್ ಕೊಡುವ ಮುಂಚೆ. ಯಾರು: ಮನೆಯ ಹಿರಿಮಗ.’

ಇಲ್ಲಿ ಗಮನಿಸಬೇಕಾದ ಮಾತು ‘ಕಬ್ಬಿಣಕ್ಕೆ ಆರ್ಡರ್ ಕೊಡುವ ಮುಂಚೆ’ ಎಂಬುದು. ಯಾವ ಹಣ ಅಥವಾ ಯಾವ ತೀರ್ಮಾನ ಈ ಊಹೆಯ ಮೇಲೆ ನಿಂತಿದೆಯೋ ಅದಕ್ಕಿಂತ ಮೊದಲು ಪರೀಕ್ಷೆ ಮುಗಿಯಬೇಕು. ‘ಪರಿಶೀಲಿಸುವುದು’ ಎಂದಷ್ಟೇ ಬರೆದು ದಿನಾಂಕ ಬಿಟ್ಟರೆ ಆ ಸಾಲು ಬರೆದೂ ಬರೆಯದಂತೆ. ಊಹೆಯನ್ನು ಪೂರ್ತಿ ವಾಕ್ಯದಲ್ಲಿ, ಸುಳ್ಳಾಗಲು ಅವಕಾಶವಿರುವಂತೆ ಬರೆಯುವುದೂ ಅಷ್ಟೇ ಮುಖ್ಯ. ‘ಮಣ್ಣು ಚೆನ್ನಾಗಿದೆ’ ಎಂಬ ಮಾತನ್ನು ಯಾರೂ ಪರೀಕ್ಷಿಸಲಾರರು. ‘5 ಅಡಿಯೊಳಗೆ ಗರಸು’ ಎಂದರೆ ಗುಂಡಿ ತೆಗೆದ ದಿನವೇ ಉತ್ತರ ಸಿಗುತ್ತದೆ.

ಎಲ್ಲ ಊಹೆಗಳಿಗೂ ಇಷ್ಟು ಶ್ರಮ ಬೇಕಿಲ್ಲ. ರ‍್ಯಾಂಡ್ ಸಂಸ್ಥೆಯ ಜೇಮ್ಸ್ ಡ್ಯೂವರ್ ಊಹೆಗಳನ್ನೇ ಆಧಾರವಾಗಿಟ್ಟುಕೊಂಡು ಯೋಜಿಸುವ ವಿಧಾನದ ಬಗ್ಗೆ 2002ರಲ್ಲಿ ಒಂದು ಪುಸ್ತಕ ಬರೆದರು. ಅವರ ವಿಧಾನದಲ್ಲಿ ನೋಡುವುದು ಎರಡನ್ನು: ಯೋಜನೆಯ ಭಾರ ಆ ಊಹೆಯ ಮೇಲೆ ಎಷ್ಟು ಬಿದ್ದಿದೆ, ಯೋಜನೆ ಮುಗಿಯುವುದರೊಳಗೆ ಅದು ಮುರಿದುಬೀಳುವ ಸಂಭವ ಇದೆಯೇ. ಎರಡೂ ಇರುವ ಊಹೆಗೆ ಮೊದಲ ಗಮನ. ಬಣ್ಣದ ಬೆಲೆ ಏರುವ ಸಂಭವವಿದ್ದರೂ ಮನೆಯ ಭಾರ ಅದರ ಮೇಲಿಲ್ಲ. ಪಾಯದ ಆಳದ ಮೇಲೆ ಇಡೀ ಭಾರವಿದೆ.

ಕೆಲವು ಊಹೆಗಳನ್ನು ಮೊದಲೇ ಪರೀಕ್ಷಿಸಲು ಬರುವುದಿಲ್ಲ. ಪಕ್ಕದ ಮನೆಯ ಬೋರ್‌ವೆಲ್ ನೀರು ಕೆಲಸ ಮುಗಿಯುವವರೆಗೂ ಸಾಕಾಗುತ್ತದೆ ಎಂಬುದನ್ನು ಡಿಸೆಂಬರ್‌ನಲ್ಲಿ ಯಾರೂ ಖಚಿತವಾಗಿ ಹೇಳಲಾರರು. ಅಂಥ ಸಾಲಿಗೆ ಪರೀಕ್ಷೆಯ ಬದಲು ಸೂಚನೆಯನ್ನು ಬರೆಯಬೇಕು: ‘ತೊಟ್ಟಿ ತುಂಬಲು ಎರಡು ಗಂಟೆಗಿಂತ ಹೆಚ್ಚು ಹಿಡಿದ ದಿನದಿಂದ ಟ್ಯಾಂಕರ್ ಗೊತ್ತುಮಾಡುವುದು.’

ಅವಲಂಬನೆಯ ಸಾಲಿನಲ್ಲಿ ಎರಡು ದಿನಾಂಕಗಳು ಬೇಕು: ನಮಗೆ ಬೇಕಾದದ್ದು, ಕೊಡುವವರು ಒಪ್ಪಿದ್ದು. ಬಡಗಿ ಮುಂಬಾಗಿಲಿನ ಚೌಕಟ್ಟು ತಂದು ಕೂರಿಸದೆ ಆ ಗೋಡೆ ಮೇಲೇಳುವುದಿಲ್ಲ. ಚೌಕಟ್ಟು ಬೇಕಾದದ್ದು ಜನವರಿ 10ಕ್ಕೆ, ಬಡಗಿ ಹೇಳಿದ್ದು 20ಕ್ಕೆ ಎಂದಾದರೆ ನಡುವಿನ ಹತ್ತು ದಿನ ಈಗಲೇ ಕಣ್ಣಿಗೆ ಬೀಳುತ್ತದೆ. ಒಂದೇ ದಿನಾಂಕ ಬರೆದಿದ್ದರೆ 10ರಂದು ಗಾರೆಯವರು ಕೈಕಟ್ಟಿ ಕೂತಾಗಲೇ ತಿಳಿಯುತ್ತಿತ್ತು. ಇನ್ನೂ ಒಂದು ಮಾತು. ಬಡಗಿಗೆ ದಿನಾಂಕ ತಿಳಿಸಿಯೇ ಇಲ್ಲದಿದ್ದರೆ ಅದನ್ನು ಅವಲಂಬನೆ ಎಂದು ಬರೆಯುವುದು ತಪ್ಪು. ಕೊಡಬೇಕಾದವರ ಕಿವಿಗೆ ಬೀಳದ ಅವಲಂಬನೆ ಬರೀ ಊಹೆ. ಬ್ಯಾಂಕಿನ ಕಂತೂ ಹೀಗೆಯೇ. ಮನೆಸಾಲದ ಹಣ ಕೆಲಸ ಏರಿದ ಹಂತಕ್ಕೆ ತಕ್ಕಂತೆ, ಬ್ಯಾಂಕಿನವರು ನೋಡಿಹೋದ ಮೇಲೆ ಬರುತ್ತದೆ. ಕಂತು ಬಂದರೆ ಕೆಲಸ, ಕೆಲಸ ಆದರೆ ಕಂತು. ಎರಡೂ ಕಡೆಯ ಸಾಲುಗಳು ಪುಸ್ತಕದಲ್ಲಿರಬೇಕು.

ಒಂದೇ ವಾಕ್ಯದೊಳಗೆ ಮೂರೂ ಅಡಗಿರುವುದು ಸಾಮಾನ್ಯ. ‘ಮಾರ್ಚ್ 1ಕ್ಕೆ ಸ್ಲ್ಯಾಬ್, 15ಕ್ಕೆ ಸೆಂಟ್ರಿಂಗ್ ಬಿಚ್ಚಿ ಒಳಗಿನ ಗಿಲಾವು ಶುರು’ ಎಂದು ಮೇಸ್ತ್ರಿ ಹೇಳುತ್ತಾರೆ. ಕಾಂಕ್ರೀಟು ಸುರಿಯುವ ಮುಂಚೆ ಕಬ್ಬಿಣದ ನಡುವೆ ವಿದ್ಯುತ್ ಪೈಪುಗಳನ್ನು ಹಾಸಿ ಮುಗಿಸಿರಬೇಕು, ಎಂಜಿನಿಯರ್ ಬಂದು ಕಬ್ಬಿಣ ನೋಡಿರಬೇಕು. ಇವು ಎರಡು ಅವಲಂಬನೆಗಳು. ಸೆಂಟ್ರಿಂಗ್ ತಂಡ ಆ ಹೊತ್ತಿಗೆ ಬೇರೆ ಕಡೆಯ ಕೆಲಸ ಮುಗಿಸಿ ಬರುತ್ತದೆ ಎಂಬುದು, ಅವರನ್ನು ಯಾರೂ ಕೇಳಿಲ್ಲದಿದ್ದರೆ, ಊಹೆ. ಇನ್ನು ಬಿಚ್ಚುವ ದಿನ. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿದಾಗ, ಆಸರೆಯಿಂದ ಆಸರೆಗೆ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಕಂಬಗಳನ್ನು 7 ದಿನ, ಅದಕ್ಕಿಂತ ಅಗಲವಾದರೆ 14 ದಿನ ತೆಗೆಯುವಂತಿಲ್ಲ. ಈ ಮನೆಯ ಹಾಲ್ 16 ಅಡಿಗೆ 18 ಅಡಿ. 16 ಅಡಿಯೆಂದರೆ 4.9 ಮೀಟರ್ ಹತ್ತಿರ. ಹಾಗಾಗಿ 14 ದಿನ ಇಲ್ಲಿ ನಿರ್ಬಂಧ. ಮಿಶ್ರ ಸಿಮೆಂಟ್ ಆದರೆ ಎಂಜಿನಿಯರ್ ಇನ್ನೂ ಕೆಲವು ದಿನ ಸೇರಿಸಬಹುದು. ಮಾರ್ಚ್ 1ರ ಕಾಂಕ್ರೀಟು ಮೂರು ದಿನ ತಡವಾದರೆ 15ನೆಯ ತಾರೀಖು ತಾನಾಗಿ 18 ಆಗುತ್ತದೆ. ‘ಹೇಗಾದರೂ ಮಾಡಿ 15ಕ್ಕೇ ಬಿಚ್ಚಿ’ ಎಂದು ಯಾರೂ ಮೇಸ್ತ್ರಿಯನ್ನು ಒತ್ತಾಯಿಸಬಾರದು. ಮೂರನ್ನೂ ಬಿಡಿಸಿ ಬರೆಯದ ಕಡೆ ಈ ಒತ್ತಾಯ ನಡೆಯುತ್ತದೆ, ಅದು ಜೀವಕ್ಕೇ ಅಪಾಯ.

ಪುಸ್ತಕವನ್ನು ತಿರುವಿಹಾಕುವ ದಿನವೂ ಗೊತ್ತಾಗಿರಬೇಕು. ಕಟ್ಟಡದ ಕೆಲಸಕ್ಕೆ ಶನಿವಾರದ ಬಟವಾಡೆಯ ಹೊತ್ತು ಅನುಕೂಲ, ಅಂದು ಎಲ್ಲರೂ ಸೈಟಿನಲ್ಲಿ ಸಿಗುತ್ತಾರೆ. ಇಡೀ ಪುಸ್ತಕ ಓದಬೇಕಿಲ್ಲ. ಮುಂದಿನ ಎರಡು ವಾರದಲ್ಲಿ ದಿನಾಂಕ ಬೀಳುವ ಸಾಲುಗಳನ್ನು ನೋಡಿ ಸ್ಥಿತಿ ಬರೆದರೆ ಸಾಕು. ಊಹೆ ನಿಜವಾದರೆ ‘ಖಚಿತ’ ಎಂದು ದಿನಾಂಕ ಹಾಕಿ ಮುಚ್ಚಬೇಕು. ಸುಳ್ಳಾದರೆ ‘ಸುಳ್ಳು’ ಎಂದು ಬರೆದು, ಅದರಿಂದ ಹುಟ್ಟಿದ ಸಮಸ್ಯೆಗೆ ಹೊಸ ಸಾಲು ತೆರೆದು, ಎರಡಕ್ಕೂ ಪರಸ್ಪರ ಸಂಖ್ಯೆ ಹಾಕಬೇಕು. ಯಾವ ಸಾಲನ್ನೂ ಅಳಿಸಬಾರದು.

ಈ ಮನೆಯಲ್ಲಿ ಗುಂಡಿ ತೆಗೆದಾಗ ಮುಂದಿನ ಮೂಲೆಯಲ್ಲಿ 5 ಅಡಿಗೇ ಗರಸು ಸಿಕ್ಕಿತು, ಹಿಂದಿನ ಮೂಲೆಯಲ್ಲಿ ಏಳೂವರೆ ಅಡಿಯವರೆಗೂ ಎರೆಯೇ ಇತ್ತು ಎನ್ನೋಣ. ಊಹೆ 1ರ ಎದುರು ‘ಸುಳ್ಳು’ ಎಂದು ಬೀಳುತ್ತದೆ. ಎಂಜಿನಿಯರ್ ಹಿಂದಿನ ಸಾಲಿನ ಕಂಬಗಳ ಪಾಯವನ್ನು ಆಳಕ್ಕೆ ಇಳಿಸುತ್ತಾರೆ, ಖರ್ಚು ಏರುತ್ತದೆ. ಆ ಏರಿಕೆ ನೇರವಾಗಿ 32 ಲಕ್ಷದ ನಿರ್ಬಂಧಕ್ಕೆ ಹೋಗಿ ತಾಗುತ್ತದೆ. ಮನೆಯವರ ಮುಂದಿರುವ ದಾರಿ ಎರಡು: ಬ್ಯಾಂಕನ್ನು ಹೆಚ್ಚಿನ ಸಾಲ ಕೇಳುವುದು, ಇಲ್ಲವೇ ಏನನ್ನಾದರೂ ಕೈಬಿಡುವುದು. ಅವರು ಕಾಂಪೌಂಡ್ ಗೋಡೆಯನ್ನು ಮುಂದಿನ ವರ್ಷಕ್ಕೆ ಬಿಡುತ್ತಾರೆ. ಕಬ್ಬಿಣದ ಆರ್ಡರ್ ಇನ್ನೂ ಹೋಗಿರದ ಕಾರಣ ಹೊಸ ಅಳತೆಗೆ ಒಮ್ಮೆಗೇ ತರಿಸಬಹುದು. ಇದೇ ಸಂಗತಿ ಪಾಯದ ಅಗೆತ ಅರ್ಧ ಮುಗಿದ ಮೇಲೆ ತಿಳಿದಿದ್ದರೆ ಕೂಲಿಯವರು ನಿಲ್ಲುತ್ತಿದ್ದರು, ಕತ್ತರಿಸಿದ ಕಬ್ಬಿಣ ಮೂಲೆಗೆ ಬೀಳುತ್ತಿತ್ತು, ಬಡಗಿಯ ಮತ್ತು ಬ್ಯಾಂಕಿನ ದಿನಾಂಕಗಳೆಲ್ಲ ಜಾರುತ್ತಿದ್ದವು.

ಪುಸ್ತಕ ದಪ್ಪವಾದಷ್ಟೂ ಯಾರೂ ಓದುವುದಿಲ್ಲ. ಇಂಥ ಮನೆಗೆ ಇಪ್ಪತ್ತು ಸಾಲು ಸಾಕು. ಪಾಯ ತೆಗೆಯುವ ಮುಂಚೆ ಎಂಜಿನಿಯರ್, ಮೇಸ್ತ್ರಿ, ಮನೆಯವರು ಒಟ್ಟಿಗೆ ಕೂತು ಒಂದು ಸಂಜೆಯಲ್ಲಿ ಅವನ್ನು ಬರೆದು ಮುಗಿಸಬಹುದು.